ಮಳೆಗಾಲದ ಹುಳ: ಬಲ್ಬಿನದ್ದು ಒಂದು ಕೆಲಸ, ಹೊಸ್ತಿಲಿನದ್ದು ಇನ್ನೊಂದು

ಜೂನ್‌ನಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆ ಒಂದು ಸಂಜೆ ಹೊಳವಾಯಿತೆಂದರೆ ಸಾಕು, ಗಾಳಿಯಿಲ್ಲದ ಆ ಸೆಕೆಯಲ್ಲಿ ಸಿಟೌಟಿನ ಗೋಡೆ ತುಂಬ ಹುಳ. ಹಸಿರು ಮಿಡತೆ, ಕಪ್ಪು ಚಿಮ್ಮಂಡೆ, ಬಾಲದಲ್ಲಿ ಇಕ್ಕಳ ಹೊತ್ತ ಕಿವಿಹುಳ ಎಲ್ಲವೂ ಒಟ್ಟಿಗೇ ಕಾಣುವುದರಿಂದ ಎಲ್ಲಕ್ಕೂ ಒಂದೇ ಮದ್ದು ಸಾಕೆಂದು ಅನಿಸುತ್ತದೆ. ಉಡುಪಿಯ ಹೊರಗೆ, ಬೈಲಿನ ಅಂಚಿನಲ್ಲಿರುವ ನಮ್ಮ ಮನೆಯಲ್ಲಿ ಅದು ಆಗಲಿಲ್ಲ. ಬಲ್ಬು ಬದಲಿಸಿದಾಗ ಮಿಡತೆ ಕಡಿಮೆಯಾಯಿತು, ಕಿವಿಹುಳ ಹಾಗೆಯೇ ಉಳಿಯಿತು. ಹೊಸ್ತಿಲಿನ ಸಂದಿ ಮುಚ್ಚಿದ ಮೇಲಷ್ಟೇ ಅದೂ ಇಳಿಯಿತು.

ಕಾರಣ ಇಷ್ಟು. ಮಿಡತೆ ಮತ್ತು ಚಿಮ್ಮಂಡೆಯಲ್ಲಿ ರೆಕ್ಕೆ ಬಲಿತವು ದೀಪಕ್ಕೆ ಹಾರಿ ಬರುತ್ತವೆ. ಮುಂಗಾಲು ಹಾರೆಯ ಹಾಗಿರುವ, ಮಣ್ಣು ಕೊರೆಯುವ ದೊಡ್ಡ ಚಿಮ್ಮಂಡೆ ಕೂಡ ಹಾಗೆಯೇ, ಧಪ್ ಎಂದು ಗೋಡೆಗೆ ಬಡಿದು ಬೀಳುತ್ತದೆ. ಕಿವಿಹುಳದಲ್ಲಿ ಹಾರುವ ಜಾತಿಗಳಿವೆ, ಆದರೆ ಮನೆಯೊಳಗೆ ಕಾಣುವ ಹೆಚ್ಚಿನವು ತೇವ ಮತ್ತು ಇಕ್ಕಟ್ಟು ಸಂದಿ ಹುಡುಕುತ್ತ ನೆಲದ ಮೇಲೆ ನಡೆದು ಬಂದವು. ಅವುಗಳಿಗೆ ದೀಪ ಯಾವ ಬಣ್ಣದ್ದಾದರೂ ಒಂದೇ.

ಮೊದಲು ಹಾರಿ ಬರುವವುಗಳ ವಿಷಯ. ಹುಳದ ಕಣ್ಣಿಗೆ ನೇರಳಾತೀತ, ನೀಲಿ, ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪಿನ ಕಡೆಗೆ ಹೋದಂತೆ ಮಂದವಾಗುತ್ತದೆ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕಿನ ಚಿಪ್. ಮೇಲಿನ ಹಳದಿ ಲೇಪ ಅದರಲ್ಲಿ ಒಂದು ಭಾಗವನ್ನು ಹಳದಿಯಾಗಿಸುತ್ತದೆ, ಉಳಿದ ನೀಲಿ ಹಾಗೇ ಹೊರಬರುತ್ತದೆ. ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ನೀಲಿ ಧಾರಾಳ, 2700 ಎಂದಿದ್ದರೆ ಕಡಿಮೆ. ಅಂಗಡಿಯಲ್ಲಿ ‘ವಾರ್ಮ್ ವೈಟ್’ ಎಂದು ಕೇಳಿದರೆ ಕೆಲವೊಮ್ಮೆ 4000 ಕೆಲ್ವಿನ್‌ನದ್ದನ್ನು ಕೊಡುತ್ತಾರೆ, ಹಾಗಾಗಿ ಅಂಕೆಯನ್ನೇ ಓದಿ ತೆಗೆದುಕೊಳ್ಳಬೇಕು. 2700ರಲ್ಲಿಯೂ ಹುಳ ಬರುತ್ತದೆ. ಪೂರ್ತಿ ನಿಲ್ಲುತ್ತದೆ ಎಂಬ ನಿರೀಕ್ಷೆಯಿಂದ ಕೊಂಡವರು ಒಂದೇ ವಾರದಲ್ಲಿ ಹಳೇ ಬಲ್ಬು ಮತ್ತೆ ಹಾಕುವುದನ್ನು ನೋಡಿದ್ದೇನೆ.

ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಲ್ಬು ಇರುವ ಜಾಗ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ದೀಪದ ಸುತ್ತ ಹಾರುವ ಕೀಟಗಳನ್ನು ಚಿತ್ರಿಸಿದ್ದಾರೆ. ಹಾರುವಾಗ ಅವು ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸುತ್ತವೆ, ಏಕೆಂದರೆ ರಾತ್ರಿಯಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳಕಿನ ದಿಕ್ಕು. ದೀಪವನ್ನೇ ಆಕಾಶವೆಂದು ಹಿಡಿದಾಗ ಬೆನ್ನು ಅತ್ತ ವಾಲಿ ಸುತ್ತುತ್ತಲೇ ಉಳಿಯುತ್ತವೆ, ಬೆಳಕು ಕೆಳಗಿನಿಂದ ಮೇಲಕ್ಕೆ ಬಂದರೆ ಮಗುಚಿ ಬೀಳುತ್ತವೆ. ಅಂದರೆ ಬೈಲಿನ ಮೇಲೆ ಹಾರುವ ಹುಳದ ಕಣ್ಣಿಗೆ ಬಲ್ಬು ನೇರವಾಗಿ ಬೀಳದಂತೆ ಮಾಡುವುದೇ ಅರ್ಧ ಕೆಲಸ. ಅಂಗಳದ ತೆಂಗಿನ ಬುಡಕ್ಕೆ ಮೇಲ್ಮುಖವಾಗಿ ಇಡುವ ಅಲಂಕಾರದ ದೀಪವನ್ನಂತೂ ಮಳೆಗಾಲದಲ್ಲಿ ಹಾಕಲೇಬಾರದು.

ಯಾವ ಬಲ್ಬು ಕಾಣುತ್ತದೆಂದು ತಿಳಿಯಲು ಮಾಡಬೇಕಾದ್ದು ಒಂದೇ. ಸಂಜೆ ಏಳೂವರೆಗೆ ಮನೆಯ ದೀಪಗಳನ್ನೆಲ್ಲ ಹಾಕಿ, ಗದ್ದೆಯ ಬದುವಿನ ಮೇಲೆ ನಿಂತು ಮನೆಯನ್ನು ನೋಡುವುದು. ನಮ್ಮಲ್ಲಿ ಮೂರು ಕಾಣುತ್ತಿದ್ದವು: ಬಾಗಿಲಿನ ನೆತ್ತಿಯ ಮೇಲೆ 20 ವ್ಯಾಟಿನ ಬಿಳಿ ಟ್ಯೂಬು, ಅಡುಗೆಮನೆ ಕಿಟಕಿ, ಬಚ್ಚಲಿನ ವೆಂಟಿಲೇಟರು. ಮೂರರಲ್ಲಿ ಕೆಟ್ಟದ್ದು ಬಾಗಿಲಿನ ಟ್ಯೂಬು. ಹುಳ ಅದಕ್ಕೆ ಬಂದು ದಾರಂದದ ಮೇಲೆಯೇ ಕೂರುತ್ತದೆ, ಯಾರಾದರೂ ಬಾಗಿಲು ತೆಗೆದ ಕ್ಷಣ ಒಳಗಿನ ಬೆಳಕಿಗೆ ಜಿಗಿಯುತ್ತದೆ. ಆ ಟ್ಯೂಬನ್ನು ತೆಗೆದು, ಬಾಗಿಲಿನಿಂದ ಎರಡೂವರೆ ಮೀಟರ್ ಆಚೆಯ ಕಂಬಕ್ಕೆ 5 ವ್ಯಾಟಿನ, 2700 ಕೆಲ್ವಿನ್ ಬಲ್ಬು ಹಾಕಿದೆ. ಅದಕ್ಕೆ ಕೆಳಮುಖದ ತಗಡಿನ ಟೊಪ್ಪಿ. ಟೊಪ್ಪಿಯ ಅಂಚು ಬಲ್ಬಿನ ತುದಿಗಿಂತ ಎರಡು ಬೆರಳು ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಬಲ್ಬು ದೂರದಿಂದ ಕಂಡೇ ಕಾಣುತ್ತದೆ. ಚಪ್ಪಲಿ ಹುಡುಕಲು, ಮೆಟ್ಟಿಲು ನೋಡಲು ಆ ಬೆಳಕು ಸಾಕು. ಬೆಳಕು ಬಿಳಿ ಗೋಡೆಗೆ ಬೀಳದೆ ಕೆಂಪು ನೆಲಕ್ಕೆ ಬಿದ್ದರೆ ಇನ್ನೂ ಒಳ್ಳೆಯದು. ಬಿಳಿ ಗೋಡೆ ಬೆಳಗಿದರೆ ಅದೇ ಒಂದು ದೊಡ್ಡ ದೀಪವಾಗುತ್ತದೆ.

ಅಡುಗೆಮನೆ ಕಿಟಕಿಗೆ ದಪ್ಪ ಪರದೆ, ವೆಂಟಿಲೇಟರಿಗೆ ಸೊಳ್ಳೆ ಬಲೆ. ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣದ ಬಲೆ ತುಕ್ಕು ಹಿಡಿದು ಉದುರುತ್ತದೆ, ಫೈಬರ್ ಬಲೆಯನ್ನು ಮಿಡತೆ ಕಚ್ಚಿ ತೂತು ಮಾಡಬಲ್ಲದು. ದುಬಾರಿಯಾದರೂ ಸ್ಟೀಲ್ ಬಲೆಯೇ ಸರಿ. ಇನ್ನೊಂದು ಮಾತು: ಕರೆಂಟು ಹೋದಾಗ ಊರೆಲ್ಲ ಕತ್ತಲು, ಇನ್ವರ್ಟರ್ ಇದ್ದ ಮನೆಯೊಂದೇ ಬೆಳಗುತ್ತದೆ. ಸುತ್ತಲಿನ ಹುಳವೆಲ್ಲ ಅಲ್ಲಿಗೆ. ಆ ಹೊತ್ತಿನಲ್ಲಿ ಸಿಟೌಟಿನ ದೀಪ ಆರಿಸಿ, ಒಳಕೋಣೆಯಲ್ಲಿ ಒಂದೇ ದೀಪ ಇಟ್ಟುಕೊಳ್ಳುವುದು ಲೇಸು.

ಇನ್ನು ಹೊಸ್ತಿಲು. ರಾತ್ರಿ ಒಳಗೆ ದೀಪ ಆರಿಸಿ, ಹೊರಗಿನಿಂದ ಒಬ್ಬರು ಬಾಗಿಲಿನ ಬುಡಕ್ಕೆ ಟಾರ್ಚು ಹಿಡಿಯಬೇಕು. ಒಳಗೆ ಬೆಳಕಿನ ಗೆರೆ ಎಲ್ಲಿ ದಪ್ಪಗಿದೆಯೋ ಅಲ್ಲೇ ದಾರಿ. ನಮ್ಮ ಹಲಸಿನ ಬಾಗಿಲಿಗೆ ಚಿಲಕದ ಕಡೆ 4 ಮಿಲಿಮೀಟರ್, ತಿರುಗಣಿಯ ಕಡೆ 9 ಮಿಲಿಮೀಟರ್ ಸಂದಿ ಇತ್ತು. 9ರಲ್ಲಿ ಚಿಮ್ಮಂಡೆ ಆರಾಮಾಗಿ ನುಗ್ಗುತ್ತದೆ. ಕಿವಿಹುಳದ ಮೈ ಚಪ್ಪಟೆ, ಅದಕ್ಕೆ 4 ಕೂಡ ಹೆಬ್ಬಾಗಿಲು.

ಇಲ್ಲಿ ಆಗುವ ತಪ್ಪು ಎರಡು. ಮೊದಲನೆಯದು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಬಾಗಿಲಿನ ಎರಡೂ ಕಡೆ ಉರುಳೆಯಂತೆ ಕೂರುವ ಸ್ಪಾಂಜು. ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಎರಚಲು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಒಂದು ಬೆಳಿಗ್ಗೆ ಅದರ ಬಟ್ಟೆಯ ಹೊದಿಕೆ ಬಿಚ್ಚಿ ನೋಡಿದರೆ ಸ್ಪಾಂಜಿಗೂ ಬಟ್ಟೆಗೂ ನಡುವೆ ಕಿವಿಹುಳಗಳು ಒತ್ತೊತ್ತಾಗಿ ಸಾಲುಗಟ್ಟಿ ಮಲಗಿದ್ದವು, ಇಕ್ಕಳವೆಲ್ಲ ಒಂದೇ ಕಡೆಗೆ. ತಡೆಯಲೆಂದು ಹಾಕಿದ್ದು ಅವುಗಳ ಮನೆಯಾಗಿತ್ತು. ಹಾಕಬೇಕಾದ್ದು ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೂರಿಸಿದ ರಬ್ಬರ್ ನಾಲಗೆ.

ಎರಡನೆಯ ತಪ್ಪು ಕಾಲದ್ದು. ಮಾರ್ಚ್‌ನಲ್ಲಿ ಮರ ಒಣಗಿ ಕುಗ್ಗಿರುತ್ತದೆ. ಆಗ ಅಳತೆ ಹಿಡಿದು ಪಟ್ಟಿ ಹೊಡೆದರೆ ಜುಲೈನಲ್ಲಿ ಮರ ಉಬ್ಬಿ ಬಾಗಿಲು ನೆಲಕ್ಕೆ ಕಚ್ಚುತ್ತದೆ, ಸಿಟ್ಟಿನಲ್ಲಿ ರಬ್ಬರನ್ನು ಬ್ಲೇಡಿನಿಂದ ಕೊಯ್ಯುತ್ತೇವೆ, ಅಲ್ಲಿಗೆ ಕೆಲಸ ಕೆಟ್ಟಿತು. ಆದ್ದರಿಂದ ಪಟ್ಟಿಯಲ್ಲಿ ದುಂಡು ತೂತಿನ ಬದಲು ಮೇಲೆ ಕೆಳಗೆ ಜಾರುವ ಉದ್ದ ತೂತು ಇರುವುದನ್ನು ನೋಡಿ ತಂದೆ. ಬಾಗಿಲು ಮುಚ್ಚಿ, ಒಳಗಡೆಯಿಂದ ಪಟ್ಟಿಯನ್ನು ಹಿಡಿದು, ರಬ್ಬರು ಹೊಸ್ತಿಲಿಗೆ ತಾಗಿ ಕೂದಲಷ್ಟು ಮಡಚುವಲ್ಲಿ ಗುರುತು ಹಾಕಬೇಕು. ಸ್ಕ್ರೂ ಸ್ಟೇನ್‌ಲೆಸ್ ಆಗಿರಲಿ. ಮೊದಲು ಎರಡು ತುದಿಗೆ ಮಾತ್ರ ಹಾಕಿ ಹತ್ತು ಸಲ ಬಾಗಿಲು ಹಾಕಿ ತೆಗೆದು ನೋಡಿ, ಆಮೇಲೆ ನಡುವಿನವನ್ನು ಬಿಗಿಯುವುದು. ಆಟಿಯಲ್ಲಿ ಬಾಗಿಲು ಉಬ್ಬಿದಾಗ ಸ್ಕ್ರೂ ಸಡಿಲಿಸಿ 2 ಮಿಲಿಮೀಟರ್ ಮೇಲೆತ್ತಿದರೆ ಆಯಿತು. ನಮ್ಮದು ಸವೆದ ಹೊಸ್ತಿಲಾದ್ದರಿಂದ ನಡುವಿನಲ್ಲಿ ಮತ್ತೂ ಬೆಳಕು ಕಂಡಿತು. ಅಷ್ಟಕ್ಕೆ ಮಾತ್ರ ಅಗಲವಾದ ಇನ್ನೊಂದು ರಬ್ಬರ್ ತುಂಡನ್ನು ಹಿಂದಿನಿಂದ ಸೇರಿಸಬೇಕಾಯಿತು.

ಇಷ್ಟಾದರೂ ಬಾಗಿಲಿನ ಹೊರಗೆ ತೇವದ ಆಸರೆ ಇದ್ದರೆ ಕಿವಿಹುಳ ಬಿಡುವುದಿಲ್ಲ. ಬೆಳಿಗ್ಗೆ ತೆಂಗಿನ ನಾರಿನ ಕಾಲೊರಸು ಎತ್ತಿ ನೋಡಿ, ಅಡಿಯಲ್ಲಿ ಇರುತ್ತವೆ. ಮಳೆಗಾಲಕ್ಕೆ ನಾರಿನದ್ದನ್ನು ತೆಗೆದು ತೂತಿರುವ ರಬ್ಬರಿನದ್ದನ್ನು ಹಾಕಬೇಕು. ಹೂಕುಂಡದ ತಟ್ಟೆ, ಗೋಡೆಗೆ ಒರಗಿಸಿದ ಸೌದೆ, ತೆಂಗಿನ ಸಿಪ್ಪೆಯ ರಾಶಿಯನ್ನು ಗೋಡೆಯಿಂದ ಎರಡು ಮಾರು ದೂರ ಒಯ್ಯಬೇಕು. ಎಷ್ಟು ಉಳಿದಿವೆ ಎಂದು ತಿಳಿಯಲು ರಾತ್ರಿ ಒದ್ದೆ ಪೇಪರನ್ನು ಸಡಿಲವಾಗಿ ಸುತ್ತಿ ಸಿಟೌಟಿನ ಮೂಲೆಯಲ್ಲಿಡುತ್ತೇನೆ. ಬೆಳಗಾಗುವಾಗ ಅದರೊಳಗೆ ಸೇರಿಕೊಂಡಿರುತ್ತವೆ, ಬಕೆಟ್ಟಿನ ಮೇಲೆ ಕೊಡವಿ ಎಣಿಸಬಹುದು. ಒಂದು ವಾರ ಇಟ್ಟರೆ ಏರಿದೆಯೋ ಇಳಿದಿದೆಯೋ ಗೊತ್ತಾಗುತ್ತದೆ. ಹೊಸ್ತಿಲಿಗೆ ಸ್ಪ್ರೇ ಹೊಡೆಯುವುದು ದಂಡ. ನಮ್ಮ ಮಳೆಯ ಎರಚಲಿಗೆ ಅದು ನಿಲ್ಲುವುದಿಲ್ಲ, ಸತ್ತ ಹುಳವನ್ನು ಬೆಕ್ಕು ತಿನ್ನುತ್ತದೆ.

ಕಿವಿಹುಳ ಕಿವಿಗೆ ಹೋಗಿ ತಲೆ ಕೊರೆಯುತ್ತದೆ ಎಂಬುದು ಸುಳ್ಳು. ಹಿಡಿದರೆ ಇಕ್ಕಳದಲ್ಲಿ ಸಣ್ಣಗೆ ಚಿವುಟುತ್ತದೆ, ಅಷ್ಟೇ. ಎಚ್ಚರ ಬೇಕಾದದ್ದು ಅದರ ಹಾಗೆಯೇ ಕಾಣುವ ಇನ್ನೊಂದರ ಬಗ್ಗೆ: ಆಸಿಡ್ ಹುಳ. ಅದೂ ಗದ್ದೆಯದ್ದೇ, ಅದೇ ದೀಪಕ್ಕೆ ಬರುತ್ತದೆ, ಅದೇ ತರ ಸಪೂರ ಮೈ, ಮೋಟು ರೆಕ್ಕೆ. ಆದರೆ ಸೆಂಟಿಮೀಟರಿಗಿಂತ ಚಿಕ್ಕದು, ಕಿತ್ತಳೆ ಮತ್ತು ಕಪ್ಪು ಪಟ್ಟಿ, ಬಾಲದಲ್ಲಿ ಇಕ್ಕಳ ಇಲ್ಲ. ಅದು ಕಚ್ಚುವುದಿಲ್ಲ. ಕುತ್ತಿಗೆಯ ಮೇಲೆ ಕೂತಾಗ ಕೈಯಲ್ಲಿ ಉಜ್ಜಿದರೆ ಒಳಗಿನ ರಸ ತಾಗಿ, ಒಂದೆರಡು ದಿನದಲ್ಲಿ ಸುಟ್ಟ ಗೀರಿನಂತೆ ಕೆಂಪಾಗಿ ಗುಳ್ಳೆ ಏಳುತ್ತದೆ. ಊದಿ ಹಾರಿಸಬೇಕು, ಉಜ್ಜಿದ್ದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಬೇಕು, ಆ ಕೈಯನ್ನು ಕಣ್ಣಿಗೆ ಒಯ್ಯಬಾರದು. ಮಕ್ಕಳಿಗೆ ಮೊದಲು ತೋರಿಸಿಕೊಡಬೇಕಾದ ವ್ಯತ್ಯಾಸ ಬಾಲದ ಇಕ್ಕಳದ್ದು.

ಕೊನೆಗೆ, ಒಳಗೆ ಬಂದೇಬಿಟ್ಟ ಚಿಮ್ಮಂಡೆ. ಫ್ರಿಜ್ಜಿನ ಅಡಿಯಲ್ಲೋ ಕಪಾಟಿನ ಹಿಂದೆಯೋ ರಾತ್ರಿಯಿಡೀ ಕಿರ್ರೆನ್ನುವುದು ಗಂಡು. ಹತ್ತಿರ ಹೋದರೆ ಹೆಜ್ಜೆಯ ಅದುರಿಗೆ ನಿಲ್ಲಿಸುತ್ತದೆ, ಅದಕ್ಕೇ ಹುಡುಕಿದಷ್ಟೂ ಸಿಗುವುದಿಲ್ಲ. ದೀಪ ಆರಿಸಿ, ಕೋಣೆಯ ಒಂದು ಮೂಲೆಯಲ್ಲಿ ಕೂತು ಸ್ವರದ ದಿಕ್ಕಿಗೆ ಕೈ ತೋರಿಸಿ ನೆನಪಿಟ್ಟುಕೊಳ್ಳಬೇಕು. ಆಮೇಲೆ ಬರಿಗಾಲಲ್ಲಿ ಇನ್ನೊಂದು ಮೂಲೆಗೆ ಹೋಗಿ ಅದೇ ತರ. ಎರಡು ದಿಕ್ಕು ಸೇರುವಲ್ಲಿ ಅದು ಇರುತ್ತದೆ. ಅಲ್ಲಿ ಹಾರ್ಲಿಕ್ಸ್ ಬಾಟಲಿಯಂಥ ಅಗಲ ಬಾಯಿಯ ಗಾಜಿನ ಬಾಟಲಿಯೊಂದಕ್ಕೆ ಎರಡು ಚಮಚ ತೌಡು ಒದ್ದೆ ಮಾಡಿ ಹಾಕಿ, ಹೊರಗಿನಿಂದ ಹತ್ತಲು ಒಂದು ಪಟ್ಟಿ ಗೋಣಿಬಟ್ಟೆ ಒರಗಿಸಿ ಇಡುತ್ತೇನೆ. ಒಳಗಿನ ನುಣುಪು ಗಾಜನ್ನು ಅದು ಹತ್ತಲಾರದು, ಬಾಟಲಿ ಎತ್ತರವಿದ್ದರೆ ಜಿಗಿದೂ ಹೋಗಲಾರದು. ಮೊದಲ ರಾತ್ರಿ ಬೀಳದಿದ್ದರೆ ಎರಡನೆಯ ರಾತ್ರಿ ತೌಡು ಬದಲಿಸಬೇಕು, ಹಳಸಿದ್ದಕ್ಕೆ ಇರುವೆ ಮುತ್ತುತ್ತದೆ. ಬಿದ್ದದ್ದನ್ನು ಬೆಳಿಗ್ಗೆ ಗದ್ದೆಯ ಬದುವಿನ ಆಚೆ ಬಿಟ್ಟು ಬರುವುದು.