ಸಂತೆ ದಿನದ ಪುಡಿ: ಡಿ ಮತ್ತು ಬಿ12 ರಿಪೋರ್ಟ್ ಹೇಳುವ ನನ್ನ ದಾರಿ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರಲ್ಲಿ ನನ್ನ ಕ್ಲಿನಿಕ್ ಇದೆ. ವಿಟಮಿನ್ ಡಿ ಮತ್ತು ಬಿ12 ಎರಡೂ ಕಡಿಮೆ ಇರುವ ರಿಪೋರ್ಟ್ ವಾರಕ್ಕೆ ನಾಲ್ಕೈದಾದರೂ ಬರುತ್ತದೆ. ಚಿಕಿತ್ಸೆ ನಿಮಗೆಲ್ಲ ಗೊತ್ತಿರುವುದೇ. ಡಿ 60,000 ಯೂನಿಟ್‌ನ ಪುಡಿ ವಾರಕ್ಕೊಂದು, ಎಂಟು ವಾರ. ಬಿ12 ಮಾತ್ರೆ ದಿನಾ ಒಂದು. ಇದರಲ್ಲಿ ಹೇಳಿಕೊಡುವುದಕ್ಕೆ ಏನಿದೆ ಅಂತ ನಾನೂ ಅಂದುಕೊಂಡಿದ್ದೆ, ಒಬ್ಬ ನಿವೃತ್ತ ಮೇಡಂ ಎರಡನ್ನೂ ಅದಲು ಬದಲು ಮಾಡಿಕೊಂಡು ಆಸ್ಪತ್ರೆ ಸೇರುವ ತನಕ.

ಅವರು ಓದಿದವರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವರು. ನಾನು ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ ಬರೆದುಕೊಟ್ಟಿದ್ದೆ, ಬಾಯಲ್ಲಿ ಕನ್ನಡದಲ್ಲಿ ಹೇಳಿದ್ದೆ. "ಅರ್ಥ ಆಯ್ತಾ?" ಅಂತ ಕೇಳಿದ್ದಕ್ಕೆ "ಹೂಂ" ಅಂದಿದ್ದರು. ಮನೆಗೆ ಹೋಗುವಷ್ಟರಲ್ಲಿ ತಲೆಯಲ್ಲಿ ಉಳಿದದ್ದು ಒಂದೇ: ಡಿ ಅಂದ್ರೆ ದಿನಾ. ಪುಡಿ ದಿನಾ ಒಂದು, ಮಾತ್ರೆ ವಾರಕ್ಕೊಂದು. ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ಮತ್ತೆ ಮತ್ತೆ ತಂದರು. ಎರಡು ತಿಂಗಳಲ್ಲಿ ಐವತ್ತು ಚಿಲ್ಲರೆ ಪುಡಿ ಹೊಟ್ಟೆಗೆ ಹೋಗಿತ್ತು. ವಾಕರಿಕೆ, ಮಲಬದ್ಧತೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಆಮೇಲೆ ಮಂಪರು. ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡರು. ನನ್ನ ಹತ್ತಿರ ಬರುವ ಹೊತ್ತಿಗೆ ಡಿ ಅತಿಯಾಗಿ ರಕ್ತದ ಕ್ಯಾಲ್ಸಿಯಂ 13ರ ಹತ್ತಿರ ಏರಿತ್ತು. ಡಿ 150ಕ್ಕಿಂತ ಜಾಸ್ತಿ ಅಂತಷ್ಟೇ ಲ್ಯಾಬ್ ಕೊಟ್ಟಿತ್ತು. ಶಿವಮೊಗ್ಗದಲ್ಲಿ ದಾಖಲಾಗಿ, ಸಲೈನ್ ಹಾಕಿಸಿಕೊಂಡು, ಸರಿಹೋಗಲು ಸುಮಾರು ವಾರ ಹಿಡಿಯಿತು. ಬಿಲ್ ಮೂವತ್ತೈದು ನಲವತ್ತು ಸಾವಿರ ಆಗಿರಬೇಕು. ಇನ್ನೂರೈವತ್ತು ರೂಪಾಯಿಯಲ್ಲಿ ಮುಗಿಯಬೇಕಿದ್ದ ಚಿಕಿತ್ಸೆ ಅದು. ತಪ್ಪು ನನ್ನದು. ಆ "ಹೂಂ" ಅನ್ನು ನಾನು ನಂಬಿದ್ದೆ.

ಮೊದಲು ಮಾಡಿದ ಉಪಾಯ, ಕರಪತ್ರ. ನಾಲ್ಕು ಸಾವಿರ ಖರ್ಚು ಮಾಡಿ ಒಳ್ಳೆ ಕಾಗದದಲ್ಲಿ ಅಚ್ಚು ಹಾಕಿಸಿದೆ. "ಜೀವಸತ್ವ", "ಪೂರಕ ಮಾತ್ರೆ" ಅಂತೆಲ್ಲ ಬರೆಸಿದ್ದೆ. ಒಬ್ಬ ಅಜ್ಜಿ ಅದನ್ನು ಓದಿಸಿಕೊಂಡು ಬಂದು "ಇದ್ರಲ್ಲಿ ವಿಟಮಿನ್ ವಿಷಯನೇ ಇಲ್ವಲ್ಲ ಡಾಕ್ಟ್ರೆ" ಅಂದರು. ಉಳಿದ ಕಟ್ಟು ಇನ್ನೂ ಕಪಾಟಿನಲ್ಲಿದೆ.

ಆಮೇಲೆ ಪುಡಿಗೆ ವಾರದ ಒಂದು ದಿನ ನಿಗದಿ ಮಾಡಿ ನೋಡಿದೆ. ಭಾನುವಾರ ಅಂದೆ. ತೋಟದ ಮನೆಯಲ್ಲಿ ಭಾನುವಾರಕ್ಕೆ ಏನೂ ವಿಶೇಷ ಇಲ್ಲ, ಮರೆತೇ ಹೋಗುತ್ತಿತ್ತು. ಸೋಮವಾರ ಅಂದೆ, ಪೂಜೆ ದಿನ ನೆನಪಿರುತ್ತದೆ ಅಂತ. ನೆನಪೇನೋ ಇತ್ತು. ಆದರೆ ಸುಮಾರು ಹೆಂಗಸರು ಅವತ್ತು ಒಪ್ಪತ್ತು. ಕೆಲವರು ಔಷಧಿ ಬಿಟ್ಟರು, ಕೆಲವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕಲಸಿ ಕುಡಿದರು. ಡಿ ಕೊಬ್ಬಿನ ಜೊತೆ ಹೋದರೆ ತಾನೇ ಚೆನ್ನಾಗಿ ಹಿಡಿಯುವುದು? ಮರುಪರೀಕ್ಷೆಯಲ್ಲಿ 12 ಇದ್ದದ್ದು 17ಕ್ಕೆ ನಿಂತ ರಿಪೋರ್ಟ್‌ಗಳು ಬಂದವು. ವಾಟ್ಸಾಪ್‌ನಲ್ಲಿ ನೆನಪಿಸುವುದನ್ನೂ ಎರಡು ತಿಂಗಳು ಮಾಡಿದೆ. ಫೋನ್ ಇರುವುದು ಮಗನ ಹತ್ತಿರ, ಮಗ ಇರುವುದು ಬೆಂಗಳೂರಲ್ಲಿ.

ಕೊನೆಗೆ ಹೊಳೆದದ್ದು ಸಂತೆ. ನಮ್ಮ ಕಡೆ ಪ್ರತಿ ಊರಿಗೂ ಒಂದು ಸಂತೆ ದಿನ ಇದೆ. ಕೂಲಿಯವರಿಗೆ ಅದೇ ಬಟವಾಡೆ ದಿನ. ಸಂತೆಗೆ ಹೋಗದ ಅಜ್ಜಿಯ ಮನೆಗೂ ಸಂಜೆ ಸಂತೆ ಚೀಲ ಬಂದೇ ಬರುತ್ತದೆ. ಅವತ್ತು ರಾತ್ರಿ ಊಟವೂ ಸ್ವಲ್ಪ ಗಟ್ಟಿಯೇ ಇರುತ್ತದೆ. ಅವತ್ತಿಂದ ನಾನು ಔಷಧಿಯ ಹೆಸರು ಹೇಳುವುದನ್ನೇ ಬಿಟ್ಟೆ. ಡಿ ಅನ್ನುವುದಿಲ್ಲ, "ಸಂತೆ ಪುಡಿ" ಅನ್ನುತ್ತೇನೆ. ಬಿ12 ಅನ್ನುವುದಿಲ್ಲ, ಅದು ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತದಲ್ಲ, "ಜೋಮಿನ ಮಾತ್ರೆ" ಅನ್ನುತ್ತೇನೆ. ಹನ್ನೆರಡು ಅಂದರೆ ಹನ್ನೆರಡು ದಿನ ಅಂತ ತಿಳಿದು ಮಾತ್ರೆ ನಿಲ್ಲಿಸಿದವರೂ ನನ್ನಲ್ಲಿದ್ದಾರೆ. ಅಕ್ಷರ, ಅಂಕಿ ಎರಡೂ ಬೇಡ.

ಶಿವಮೊಗ್ಗದಲ್ಲಿ ಗೆಳೆಯರ ಹತ್ತಿರ ಹೇಳಿದಾಗ "ನಿಮ್ಮಲ್ಲಿ ಪೇಷೆಂಟ್ ಕಡಿಮೆ, ಅದಕ್ಕೇ ಇಷ್ಟೆಲ್ಲ ಟೈಮ್" ಅಂದರು. ಟೈಮ್ ಹಿಡಿಯುವುದು ಆರೇಳು ನಿಮಿಷ. ಈಗ ಎರಡು ವರ್ಷದಲ್ಲಿ ನೂರಿಪ್ಪತ್ತು ನೂರಮೂವತ್ತು ಜನರಿಗೆ ಹೀಗೆ ಹೇಳಿರಬಹುದು. ಅದಲು ಬದಲು ಮಾಡಿಕೊಂಡವರು ಇಬ್ಬರೇ. ಇಬ್ಬರೂ ನಾಲ್ಕನೇ ವಾರಕ್ಕೆ ಮೊದಲೇ ನನ್ನ ಕೈಗೆ ಸಿಕ್ಕರು.

ಹೇಗೆ ಹೇಳುತ್ತೇನೆ ಅನ್ನುವುದನ್ನು ಒಂದು ಕೇಸಿನಲ್ಲೇ ಹೇಳುತ್ತೇನೆ. ಅಡಿಕೆ ತೋಟದ ಮನೆಯ ಹವ್ಯಕ ಅಮ್ಮ, ಐವತ್ತೆಂಟು ವರ್ಷ. ಸೊಸೆ ಜೊತೆ ಬಂದಿದ್ದರು. ಸಕ್ಕರೆ ಕಾಯಿಲೆಗೆ ಎಂಟೊಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್. ಸುಸ್ತು, ಸೊಂಟ ನೋವು, ಪಾದದಲ್ಲಿ ಜೋಮು. ತೋಟದಲ್ಲಿ ನಡೆಯುವಾಗ ಹವಾಯಿ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಡಿ 11, ಬಿ12 140ರ ಆಸುಪಾಸು. ಎರಡಕ್ಕೂ ಪಕ್ಕದಲ್ಲಿ ದಪ್ಪ ಅಕ್ಷರದ ಗುರುತು. ಅದನ್ನು ನೋಡಿಯೇ ಅರ್ಧ ಹೆದರಿದ್ದರು.

ಮೊದಲ ಮಾತು ಯಾವಾಗಲೂ ಅವರ ದೂರಿನಿಂದ ಶುರು. "ಚಪ್ಪಲಿ ಕಳಚಿದ್ದು ಗೊತ್ತಾಗ್ತಿಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಈ ಎರಡನೇ ಸಾಲಲ್ಲಿದೆ" ಅಂತ ಬಿ12 ಸಾಲು ತೋರಿಸಿದೆ. ಸಕ್ಕರೆಯಿಂದಲೂ ಜೋಮು ಬರುತ್ತದೆ, ಅದನ್ನೂ ಹೇಳಿದೆ. ಅಮ್ಮ ತಕ್ಷಣ "ನಮ್ಮನೇಲಿ ಹಾಲು ಮಜ್ಜಿಗೆಗೆ ಬರ ಇಲ್ಲ ಡಾಕ್ಟ್ರೆ, ಕಡಿಮೆ ಹೇಗಾಯ್ತು?" ಅಂದರು. ದಿನಕ್ಕೆ ಎಷ್ಟು ಹಾಲು ಹೊಟ್ಟೆಗೆ ಹೋಗುತ್ತದೆ ಅಂತ ಲೆಕ್ಕ ಹಾಕಿಸಿದೆ. ಎರಡು ಲೋಟ ಕಾಫಿಗೆ ಸ್ವಲ್ಪ ಸ್ವಲ್ಪ, ಊಟಕ್ಕೆ ನೀರು ಮಜ್ಜಿಗೆ. ದೊಡ್ಡ ಲೋಟ ಹಾಲಿನಲ್ಲಿ ಇರುವ ಬಿ12 ಸುಮಾರು ಒಂದು ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು ಎರಡಕ್ಕಿಂತ ತುಸು ಜಾಸ್ತಿ. ಮೀನು, ಮೊಟ್ಟೆ ಇಲ್ಲದ ಮನೆಯಲ್ಲಿ ಇದೊಂದೇ ದಾರಿ.

ಆಮೇಲೆ ಕಣಜದ ಮಾತು. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆಗೆ ದಾಸ್ತಾನು ಇರುತ್ತದೆ. "ಹಳೇ ಕಾಲದ ಭತ್ತದ ಕಣಜ ಇದ್ದ ಹಾಗೆ ಅಮ್ಮ. ದಿನಾ ಒಂದು ಸೇರು ತೆಗೀತಾ ಇದ್ರೆ ಗೊತ್ತಾಗಲ್ಲ. ತಳ ಕಂಡ ದಿನ ಗೊತ್ತಾಗತ್ತೆ. ತುಂಬಿಸೋದೂ ಒಂದು ದಿನದಲ್ಲಿ ಆಗಲ್ಲ." ಇದನ್ನು ಹೇಳಿದ ಮೇಲೆ "ಹದಿನೈದು ದಿನ ತಗೊಂಡೆ, ಸಾಕಲ್ವಾ?" ಅನ್ನುವ ಪ್ರಶ್ನೆ ಬರುವುದೇ ಅಪರೂಪ.

ಮೆಟ್‌ಫಾರ್ಮಿನ್ ವಿಷಯದಲ್ಲಿ ಒಂದು ಎಚ್ಚರ. ಹಿಂದೆ ಒಬ್ಬರಿಗೆ "ಸಕ್ಕರೆ ಮಾತ್ರೆಯಿಂದ ಬಿ12 ಕಡಿಮೆಯಾಗತ್ತೆ" ಅಂತ ಸತ್ಯವನ್ನೇ ಹೇಳಿದ್ದೆ. ಅವರು ಮನೆಗೆ ಹೋಗಿ ಸಕ್ಕರೆ ಮಾತ್ರೆ ನಿಲ್ಲಿಸಿದರು. ತಿಂಗಳ ನಂತರ ಸಕ್ಕರೆ ಮುನ್ನೂರು ದಾಟಿತ್ತು. ಈಗ ವಾಕ್ಯ ತಿರುವಿ ಹೇಳುತ್ತೇನೆ: "ಸಕ್ಕರೆ ಮಾತ್ರೆ ಬಿಡಬೇಡಿ. ಅದು ತಗೊಳ್ಳೋವರೆಗೂ ಜೋಮಿನ ಮಾತ್ರೆ ಅದರ ಜೊತೆಗಿರ್ಲಿ." ಎರಡೂ ಮಾತ್ರೆ ಒಂದೇ ಡಬ್ಬಿಯಲ್ಲಿ ಇಡಿಸುತ್ತೇನೆ. ಒಂದು ತಗೊಂಡರೆ ಇನ್ನೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಈ ಅಮ್ಮನಿಗೆ ನರದ ಲಕ್ಷಣ ಇದ್ದದ್ದರಿಂದ ಮೊದಲು ಇಂಜೆಕ್ಷನ್ ಕೊಟ್ಟೆ. 1,000 ಮೈಕ್ರೋಗ್ರಾಂ, ದಿನ ಬಿಟ್ಟು ದಿನ ಆರು. ಬಸ್ಸು ಚಾರ್ಜು, ದಿನದ ಕೆಲಸ ಎರಡೂ ಹಾಳಾಗಬಾರದು ಅಂತ ಅವರೂರಿನ ಹತ್ತಿರದ ನರ್ಸ್ ಕೈಲಿ ಹಾಕಿಸಿದೆ. ಆಮೇಲೆ ಮಾತ್ರೆ, ದಿನಾ ಒಂದು. ಮೊದಲೇ ಹೇಳಿಟ್ಟೆ: "ಸುಸ್ತು ತಿಂಗಳೊಳಗೆ ಇಳಿಯಬಹುದು. ಜೋಮು ಮೂರರಿಂದ ಆರು ತಿಂಗಳು ತಗೊಳ್ಳತ್ತೆ, ಸ್ವಲ್ಪ ಉಳಿದರೂ ಉಳೀಬಹುದು." ಹೀಗೆ ಹೇಳದಿದ್ದರೆ ತಿಂಗಳಿಗೇ "ಔಷಧಿ ಹಿಡಿಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಇಂಜೆಕ್ಷನ್ ನಡೆಯುವಾಗ ಬಿ12 ಪರೀಕ್ಷೆ ಮಾಡಿಸಬೇಡಿ ಅಂತಲೂ ಹೇಳಿದೆ. ಒಬ್ಬರು ಎಂಟುನೂರು ರೂಪಾಯಿ ಕೊಟ್ಟು ಮಾಡಿಸಿಕೊಂಡು, 2,000 ದಾಟಿದ್ದು ನೋಡಿ ಹೆದರಿ ಎಲ್ಲವನ್ನೂ ನಿಲ್ಲಿಸಿದ್ದರು. ಇಂಜೆಕ್ಷನ್ ಆದ ಬೆನ್ನಿಗೇ ಬರುವ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಡಿ ಮಾತು ಬಂದಾಗ ಅಮ್ಮ "ಇಡೀ ದಿನ ತೋಟದಲ್ಲೇ ಇರ್ತೀನಿ" ಅಂದರು. "ತೋಟದಲ್ಲಿ ಅಡಿಕೆ ಒಣಗಿಸ್ತೀರಾ?" ಅಂತ ಕೇಳಿದೆ. "ಅಲ್ಲೆಲ್ಲಿ ಒಣಗತ್ತೆ, ಬರೀ ನೆರಳು!" ಅಂದವರು ತಾವೇ ನಕ್ಕರು. ಬೇರೆ ವಿವರಣೆ ಬೇಕಾಗಲಿಲ್ಲ. ಅಂಗಳದಲ್ಲಿ ಅಡಿಕೆ ಚೆನ್ನಾಗಿ ಕಾಯುವ ಬಿಸಿಲು, ಅಂದರೆ ಹನ್ನೊಂದರಿಂದ ಎರಡು ಗಂಟೆಯದ್ದು, ಅದೇ ಕೆಲಸಕ್ಕೆ ಬರುವುದು. ಬೆಳಿಗ್ಗೆ ಏಳರ ಎಳೆ ಬಿಸಿಲಿನಲ್ಲಿ ಕೂತರೆ ಹಿತ ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ ಕಡೆಯ ಮಳೆಯಲ್ಲಿ ಅದೂ ಸಿಗುವುದಿಲ್ಲ. 11 ಇರುವವರಿಗೆ ಬರೀ ಬಿಸಿಲು ಸಾಲದು, ಪುಡಿ ಬೇಕೇ ಬೇಕು.

ಪುಡಿ ಕೊಡುವುದು ನಾಲ್ಕೇ. ಎಂಟು ಒಟ್ಟಿಗೆ ಕೊಡುವುದಿಲ್ಲ. ಚೀಟಿಯ ಮೇಲೆ "4 ಮಾತ್ರ, ಮತ್ತೆ ಕೊಡಬೇಡಿ" ಅಂತ ಕನ್ನಡದ ಮೊಹರು. ಮಾಡಿಸಲು ನೂರೆಂಬತ್ತು ರೂಪಾಯಿ ಆಯಿತು. ಮೆಡಿಕಲ್ ಶಾಪ್‌ನವರು ಮೊದಲು ಗೊಣಗಿದರು, ಈಗ ಅವರೇ ಕಾವಲು ಕಾಯುತ್ತಾರೆ. ನಾಲ್ಕು ಸಂತೆ ಆದ ಮೇಲೆ ಖಾಲಿ ಪ್ಯಾಕೆಟ್ ತಂದು ತೋರಿಸಿದರೆ ಇನ್ನು ನಾಲ್ಕು. ಅಪ್ಪಿತಪ್ಪಿ ದಿನಾ ತಗೊಂಡರೂ ನಾಲ್ಕೇ ಪುಡಿ, ಹೆಚ್ಚಿನವರಿಗೆ ಅಪಾಯ ಆಗುವುದಿಲ್ಲ. ಕಿಡ್ನಿ ತೊಂದರೆ, ಕಿಡ್ನಿ ಕಲ್ಲು ಇರುವವರಿಗೆ ಮಾತ್ರ ನಾನು ಕ್ಯಾಲ್ಸಿಯಂ ನೋಡದೆ ಇದನ್ನು ಶುರು ಮಾಡುವುದಿಲ್ಲ. ಮನೆಯಲ್ಲಿ ಆಗಲೇ ಇರುವ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ಪನ್ನೂ ತರಿಸಿ ನೋಡುತ್ತೇನೆ. ಅದರಲ್ಲೂ ಡಿ ಇರುತ್ತದಲ್ವಾ?

"ಅರ್ಥ ಆಯ್ತಾ?" ಅಂತ ಈಗ ಕೇಳುವುದೇ ಇಲ್ಲ. ಅಮ್ಮನಿಗೆ "ಮನೆಗೆ ಹೋಗಿ ಯಜಮಾನರಿಗೆ ಏನು ಹೇಳ್ತೀರಿ?" ಅಂದೆ. "ಸಂತೆ ದಿನ ರಾತ್ರಿ ಊಟ ಆದ್ಮೇಲೆ ಹಾಲಲ್ಲಿ ಪುಡಿ. ಜೋಮಿನ ಮಾತ್ರೆ ದಿನಾ, ಸಕ್ಕರೆ ಮಾತ್ರೆ ಪಕ್ಕ" ಅಂದರು. ಇದಾದ ಮೇಲೆ ಸೊಸೆಗೆ ನಾನು ಬೇಕಂತಲೇ ಒಂದು ತಪ್ಪು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಅವರು ತಿದ್ದಿದರೆ ಮಾತ್ರ ಚೀಟಿ ಕೊಡುತ್ತೇನೆ. ಆ ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕಡೆಯವರೇ ಓದಿ ಉತ್ತರ ಕಲಿತು ಬರುತ್ತಾರೆ. ಖಾಲಿ ಪ್ಯಾಕೆಟ್ ನೋಡಿ ದಿನಾ ತಗೊಂಡದ್ದೋ ವಾರಕ್ಕೊಂದೋ ಅಂತ ಹೇಗೆ ಕಂಡುಹಿಡಿಯುತ್ತೇನೆ ಅನ್ನುವುದೂ ಅಷ್ಟೇ. ಕ್ಲಿನಿಕ್‌ಗೆ ಬಂದರೆ ತೋರಿಸುತ್ತೇನೆ.

ಎಂಟು ಸಂತೆ ಮುಗಿದ ಮೇಲೆ ಪುಡಿ ತಿಂಗಳಿಗೊಂದು. ಅದಕ್ಕೆ ಹುಣ್ಣಿಮೆ ಇಟ್ಟಿದ್ದೇನೆ. ಹುಣ್ಣಿಮೆ ಲೆಕ್ಕ ಇಡದ ಮನೆಗಳಿಗೆ ಸಂಘದ ಕಂತು ಕಟ್ಟುವ ದಿನ.

ಅಮ್ಮ ಮೂರನೇ ತಿಂಗಳು ಬಂದಾಗ ಡಿ 34. ಬಿ12 ನಾನು ಮಾಡಿಸಲಿಲ್ಲ, ದುಡ್ಡು ದಂಡ. ಬದಲಿಗೆ ಟ್ಯೂನಿಂಗ್ ಫೋರ್ಕ್ ಮೀಟಿ, ಅದರ ಅದುರು ಗೊತ್ತಾಗುತ್ತದಾ ಅಂತ ಕಾಲಿನ ಹೆಬ್ಬೆರಳಿಗೆ ಇಟ್ಟೆ. ಮೊದಲ ಸಲ ಏನೂ ಗೊತ್ತಾಗಿರಲಿಲ್ಲ. ಈ ಸಲ "ಗುಂಯ್ ಅಂತಿದೆ" ಅಂದರು, ಬಲಗಾಲಿನಲ್ಲಿ ಮಾತ್ರ. ಆರನೇ ತಿಂಗಳಿಗೆ ಎಡಗಾಲಿನಲ್ಲೂ ಮಸುಕಾಗಿ ಗೊತ್ತಾಗುತ್ತಿತ್ತು. ಅವತ್ತು ಎದ್ದು ಹೊರಡುವಾಗ ಬಾಗಿಲ ಹತ್ತಿರ ಎಡ ಚಪ್ಪಲಿ ಕಾಲಿಂದ ಜಾರಿತು. ಅಮ್ಮ ಅಲ್ಲೇ ನಿಂತು, ಕೆಳಗೆ ನೋಡದೆಯೇ ಕಾಲಲ್ಲಿ ತಡಕಿ ಮತ್ತೆ ಹಾಕಿಕೊಂಡು ಹೋದರು.