ಉಪ್ಪುನೀರಿನಲ್ಲಿ ಸೋಡಿಯಂ ಏಕೆ ಬರುವುದಿಲ್ಲ, ಮೈಲುತುತ್ತದಲ್ಲಿ ತಾಮ್ರ ಏಕೆ ಬರುತ್ತದೆ: ನನ್ನ ಅನುಭವ

ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಹಲವು ವರ್ಷ ಈ ಎರಡು ದ್ರಾವಣಗಳ ವಿದ್ಯುದ್ವಿಭಜನೆಯನ್ನು ಕಪ್ಪುಹಲಗೆಯ ಮೇಲಷ್ಟೇ ಮುಗಿಸುತ್ತಿದ್ದೆ. ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ ಕ್ಯಾಥೋಡಿನಲ್ಲಿ ಹೈಡ್ರೋಜನ್, ಆನೋಡಿನಲ್ಲಿ ಕ್ಲೋರಿನ್. ತಾಮ್ರದ ಸಲ್ಫೇಟಿನಲ್ಲಿ ಕ್ಯಾಥೋಡಿನಲ್ಲಿ ತಾಮ್ರ, ಆನೋಡಿನಲ್ಲಿ ಆಮ್ಲಜನಕ ಎಂದು ಕೋಷ್ಟಕ ಬರೆದರೆ ಪಾಠ ಮುಗಿಯುತ್ತಿತ್ತು. ಒಂದು ವರ್ಷ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಸೋಡಿಯಮ್ಮೇ ಮೊದಲು ಬಂದು, ಅದು ತಕ್ಷಣ ನೀರಿನ ಜೊತೆ ಸೇರಿ ಹೈಡ್ರೋಜನ್ ಕೊಡ್ತಾ ಇರಬಹುದಲ್ವಾ? ನಮಗೆ ಕಾಣೋದು ಎರಡರಲ್ಲೂ ಗುಳ್ಳೆನೇ ತಾನೆ?" ಎಂದು ಕೇಳಿದಳು. ಸೋಡಿಯಂ ಚೂರನ್ನು ನೀರಿಗೆ ಹಾಕಿದರೆ ಹೈಡ್ರೋಜನ್ ಬರುತ್ತದೆ ಎಂದು ಅದೇ ತಿಂಗಳು ಕಲಿಸಿದವನು ನಾನೇ. ಕ್ರಿಯಾಶೀಲತಾ ಸರಣಿಯಲ್ಲಿ ಸೋಡಿಯಂ ಮೇಲಿದೆ ಎನ್ನುವ ಉತ್ತರ ಅವಳ ಪ್ರಶ್ನೆಗೆ ಉತ್ತರವಾಗುವುದಿಲ್ಲ ಎಂಬುದು ನನಗೆ ಆಗಲೇ ಹೊಳೆಯಿತು.

ಉತ್ತರ ಸಿಕ್ಕಿದ್ದು ವೋಲ್ಟೇಜಿನಲ್ಲಿ. ಸೋಡಿಯಂ ಅಯಾನು ಎಲೆಕ್ಟ್ರಾನನ್ನು ಪಡೆದು ಲೋಹವಾಗುವುದಕ್ಕೆ ಪ್ರಮಾಣ ವಿಭವ −2.71 ವೋಲ್ಟ್. ಕ್ಲೋರೈಡ್ ಅಯಾನು ಎಲೆಕ್ಟ್ರಾನನ್ನು ಬಿಟ್ಟು ಕ್ಲೋರಿನ್ ಆಗುವ ಕ್ರಿಯೆಯ ವಿಭವ 1.36 ವೋಲ್ಟ್. ಇವೆರಡೂ ಒಟ್ಟಿಗೆ ನಡೆಯಬೇಕಾದರೆ ಹೊರಗಿನಿಂದ ಸುಮಾರು 4 ವೋಲ್ಟ್ ಕೊಡಲೇಬೇಕು; ಅದಕ್ಕಿಂತ ಕಡಿಮೆ ಕೊಟ್ಟರೆ ಎಷ್ಟು ಹೊತ್ತು ಕಾದರೂ ಸೋಡಿಯಂ ಹುಟ್ಟಲಾರದು. ಆದರೆ ಕ್ಯಾಥೋಡಿನಲ್ಲಿ ನೀರೇ ಎಲೆಕ್ಟ್ರಾನನ್ನು ಪಡೆದು ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಆಗುವುದಾದರೆ, ತಟಸ್ಥ ದ್ರಾವಣದಲ್ಲಿ ಅದರ ವಿಭವ −0.41 ವೋಲ್ಟ್, ಪೂರ್ಣ ಕ್ಷಾರೀಯ ದ್ರಾವಣದಲ್ಲಿ −0.83 ವೋಲ್ಟ್. ಹಾಗಾದರೆ ಹೈಡ್ರೋಜನ್ ಮತ್ತು ಕ್ಲೋರಿನ್ ಬರಲು ಮೊದಲಲ್ಲಿ 1.8 ವೋಲ್ಟ್, ಕ್ಷಾರ ಕೂಡಿಕೊಂಡ ಮೇಲೆ 2.2 ವೋಲ್ಟ್ ಹತ್ತಿರದಲ್ಲೇ ಸಾಧ್ಯವಾಗಬೇಕು. ಎರಡು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 3 ವೋಲ್ಟ್. ಅಂದರೆ ಎರಡು ಉತ್ತರಗಳ ನಡುವೆ ಸರಿಯಾಗಿ ಬಂದು ನಿಲ್ಲುತ್ತದೆ.

ನೂರು ಮಿಲಿಲೀಟರ್ ನೀರಿಗೆ 30 ಗ್ರಾಂ ಅಡುಗೆ ಉಪ್ಪು ಕರಗಿಸಿದೆ. ಆನೋಡಿಗೆ ಹಳೆಯ ಸತು-ಕಾರ್ಬನ್ ಸೆಲ್ಲಿನಿಂದ ತೆಗೆದ ಕಾರ್ಬನ್ ಕಡ್ಡಿ, ಕ್ಯಾಥೋಡಿಗೆ ಉಜ್ಜಿ ಶುಚಿಗೊಳಿಸಿದ ಕಬ್ಬಿಣದ ಮೊಳೆ. (ಕ್ಷಾರೀಯ ಸೆಲ್ಲುಗಳನ್ನು ಬಿಚ್ಚಬಾರದು, ಅವುಗಳಲ್ಲಿ ಕಾರ್ಬನ್ ಕಡ್ಡಿಯೂ ಇರುವುದಿಲ್ಲ, ಒಳಗಿನ ಕ್ಷಾರ ಕೈಯನ್ನು ಸುಡುತ್ತದೆ.) ಮೊದಲು ಒಂದೇ ಸೆಲ್ಲನ್ನು ಜೋಡಿಸಿದಾಗ ಮಲ್ಟಿಮೀಟರಿನ ಅಂಕಿ ಒಂದು ಕ್ಷಣ ಮೇಲೆದ್ದು ಇಳಿದುಹೋಯಿತು, ಗುಳ್ಳೆ ಬರಲಿಲ್ಲ. ಎರಡನೆಯ ಸೆಲ್ಲು ಸೇರಿದ ಕೂಡಲೇ ಮೊಳೆಯ ಮೈಮೇಲೆ ಸಣ್ಣ ಗುಳ್ಳೆಗಳು ಎದ್ದವು, ಮತ್ತು ನಿಲ್ಲದೆ ಏಳುತ್ತಲೇ ಹೋದವು. ಎರಡು ತುದಿಗಳ ನಡುವಿನ ವೋಲ್ಟೇಜು 3ಕ್ಕಿಂತ ತುಸು ಕಡಿಮೆಯೇ ಇತ್ತು. ಸೋಡಿಯಂ ಹುಟ್ಟಲು ಬೇಕಾದ 4 ವೋಲ್ಟ್ ಇಲ್ಲದಿದ್ದಾಗಲೂ ಹೈಡ್ರೋಜನ್ ಬರುತ್ತಿದೆಯೆಂದರೆ ಅದು ನೀರಿನಿಂದ ನೇರವಾಗಿ ಬರುತ್ತಿದೆ ಎಂದೇ ಅರ್ಥ. ಆ ಹುಡುಗಿ ಮಲ್ಟಿಮೀಟರನ್ನು ತಾನೇ ಹಿಡಿದು ಇನ್ನೊಮ್ಮೆ ಅಳೆದ ಮೇಲೆಯೇ ಒಪ್ಪಿಕೊಂಡಳು.

ಇಲ್ಲಿ ಪಠ್ಯಪುಸ್ತಕದ ಒಂದು ವಾಕ್ಯದ ಬಗ್ಗೆ ಹೇಳಬೇಕು. Na⁺ಗಿಂತ H⁺ ಅಯಾನು ಮೊದಲು ವಿಸರ್ಜನೆಯಾಗುತ್ತದೆ ಎಂದು ಬರೆಯುವುದು ವಾಡಿಕೆ. ತಟಸ್ಥ ನೀರಿನಲ್ಲಿ H⁺ ಇರುವುದು ಒಂದು ಲೀಟರಿಗೆ ಒಂದು ಮೋಲಿನ ಕೋಟಿಯಲ್ಲೊಂದು ಪಾಲು ಮಾತ್ರ. ವಾಸ್ತವದಲ್ಲಿ ಎಲೆಕ್ಟ್ರಾನು ಪಡೆಯುವುದು ನೀರಿನ ಅಣುವೇ: 2H₂O + 2e⁻ → H₂ + 2OH⁻. ಲೆಕ್ಕಕ್ಕೆ ಎರಡೂ ಒಂದೇ ಫಲ ಕೊಡುತ್ತವೆ, ಆದರೆ ನೀರನ್ನು ಪಾಲುದಾರನಾಗಿ ಕಾಣದಿದ್ದರೆ ಮೊಳೆಯ ಸುತ್ತ ಕ್ಷಾರ ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ. ಅದನ್ನು ತೋರಿಸಲು ನಾನು ಅರಿಸಿನ ಹಚ್ಚಿ ಒಣಗಿಸಿದ ಕಾಗದದ ಪಟ್ಟಿಯನ್ನು ಮೊಳೆಯ ಪಕ್ಕ ಇಳಿಬಿಡುತ್ತೇನೆ. ಎರಡು ನಿಮಿಷದಲ್ಲಿ ಅದು ಕುಂಕುಮದ ಹಾಗೆ ಕೆಂಪಾಗುತ್ತದೆ. ನಮ್ಮ ಶಾಲೆಯ ಕೊಳವೆಬಾವಿಯ ನೀರು ಬಳಸಿದ ದಿನ ಮೊಳೆಯ ಸುತ್ತ ಬಿಳಿ ಮೋಡವೊಂದು ಕಟ್ಟಿತು, ಮಕ್ಕಳು ಅದನ್ನೇ ಸೋಡಿಯಂ ಎಂದುಕೊಂಡರು. ಗಡಸು ನೀರಿನಲ್ಲಿದ್ದ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಆ ಕ್ಷಾರದೊಡನೆ ಕೂಡಿ ಕೆಳಗಿಳಿದದ್ದು ಅದು. ಅಂದಿನಿಂದ ಇನ್ವರ್ಟರ್ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನೇ ತರಿಸುತ್ತೇನೆ.

ಆನೋಡಿನ ಕಥೆ ಇಷ್ಟು ಸರಳವಲ್ಲ, ಮತ್ತು ನನ್ನ ಪ್ರಕಾರ ಇಡೀ ಪಾಠದಲ್ಲಿ ಹೆಚ್ಚು ಕುತೂಹಲದ ಭಾಗ ಇದೇ. ಕೋಷ್ಟಕವನ್ನಷ್ಟೇ ನಂಬಿದರೆ ನೀರಿನಿಂದ ಆಮ್ಲಜನಕ ಬರುವ ವಿಭವ 1.23 ವೋಲ್ಟ್, ಕ್ಲೋರಿನ್ನಿನದು 1.36. ಆ ಲೆಕ್ಕದಲ್ಲಿ ಆಮ್ಲಜನಕವೇ ಮೊದಲು ಬರಬೇಕಿತ್ತು. ಆದರೆ ಗಾಢ ಉಪ್ಪುನೀರಿನಲ್ಲಿ ಬರುವುದು ಕ್ಲೋರಿನ್: ಬ್ಲೀಚಿಂಗ್ ಪುಡಿಯ ಆ ಘಾಟು ಒಂದು ನಿಮಿಷದೊಳಗೆ ಮೂಗಿಗೆ ತಾಗುತ್ತದೆ, ಒದ್ದೆ ಲಿಟ್ಮಸ್ ಕಾಗದದ ಬಣ್ಣವೇ ಹಾರಿಹೋಗುತ್ತದೆ. ಕಾರಣವೇನೆಂದರೆ, ನೀರಿನಿಂದ ಒಂದು ಆಮ್ಲಜನಕ ಅಣು ಆಗಬೇಕಾದರೆ ನಾಲ್ಕು ಎಲೆಕ್ಟ್ರಾನುಗಳು ಕಳಚಿ, ಎರಡು ಆಮ್ಲಜನಕ ಪರಮಾಣುಗಳು ಹಲವು ಹಂತಗಳನ್ನು ದಾಟಿ ಒಂದುಗೂಡಬೇಕು; ಕಾರ್ಬನ್ನಿನ ಮೇಲ್ಮೈಯಲ್ಲಿ ಇದು ಬಹಳ ನಿಧಾನ, ಅದನ್ನು ಓಡಿಸಲು ಕೋಷ್ಟಕದ ಬೆಲೆಯ ಮೇಲೆ ಗಣನೀಯವಾದ ಹೆಚ್ಚುವರಿ ವೋಲ್ಟೇಜು ಬೇಕು. ಕ್ಲೋರೈಡಿಗೆ ಎರಡೇ ಎಲೆಕ್ಟ್ರಾನುಗಳ ಕೆಲಸ, ಹೆಚ್ಚುವರಿಯಾಗಿ ಬೇಕಾಗುವುದು ಅತ್ಯಲ್ಪ. ಅದರ ಮೇಲೆ ಗಾಢ ದ್ರಾವಣದಲ್ಲಿ ಕ್ಲೋರೈಡ್ ದಟ್ಟವಾಗಿರುತ್ತದೆ. ಇದನ್ನು ಪರೀಕ್ಷಿಸಲು ಒಂದು ಲೀಟರಿಗೆ ಒಂದೇ ಗ್ರಾಂ ಉಪ್ಪು ಹಾಕಿ, ದ್ರಾವಣದ ರೋಧ ಹೆಚ್ಚಿದ್ದರಿಂದ 9 ವೋಲ್ಟ್ ಕೊಟ್ಟು ನೋಡಿದೆ. ಘಾಟು ಬಹಳ ಕ್ಷೀಣವಾಯಿತು, ನೀಲಿ ಲಿಟ್ಮಸ್ ಮೊದಲು ಕೆಂಪಾಗಿ, ಬಹಳ ಹೊತ್ತಿನ ಮೇಲೆ ಮಾತ್ರ ಬಣ್ಣ ಕಳೆದುಕೊಂಡಿತು. ದುರ್ಬಲ ದ್ರಾವಣದಲ್ಲಿ ಆಮ್ಲಜನಕದ ಪಾಲು ಏರುತ್ತದೆ. ಇದು ಒಂದು ಬಿಟ್ಟು ಇನ್ನೊಂದು ಎನ್ನುವ ಗೆರೆಯಲ್ಲ, ಮಿಶ್ರಣದ ಪ್ರಮಾಣ ಬದಲಾಗುವುದು.

ಗಾಢ ದ್ರಾವಣದ ಪ್ರಯೋಗವನ್ನು ನಾನು ಕಿಟಕಿ ತೆರೆದು, ಐದು ನಿಮಿಷಕ್ಕಿಂತ ಹೆಚ್ಚು ಬಿಡುವುದಿಲ್ಲ. ಉಳಿದ ದ್ರಾವಣದಲ್ಲಿ ಕ್ಲೋರಿನ್ ಮತ್ತು ಕ್ಷಾರ ಸೇರಿ ಹೈಪೋಕ್ಲೋರೈಟ್ ಆಗಿರುತ್ತದೆ, ಆದ್ದರಿಂದ ಪಾತ್ರೆ ತೊಳೆಯುವಾಗ ಅದಕ್ಕೆ ನಿಂಬೆರಸವಾಗಲಿ ಬೇರೆ ಆಮ್ಲವಾಗಲಿ ತಗುಲಿಸಬಾರದು. ಕ್ಲೋರಿನ್ ಮತ್ತೆ ಎದ್ದು ಬರುತ್ತದೆ.

ಮೈಲುತುತ್ತ ನಮ್ಮ ಊರಿನಲ್ಲಿ ಹುಡುಕಬೇಕಾದ ವಸ್ತುವಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲೆಲ್ಲ ಮಳೆಗಾಲಕ್ಕೆ ಮೊದಲೇ ಅದು ಬಂದಿರುತ್ತದೆ. ಹನ್ನೆರಡೂವರೆ ಗ್ರಾಂ ಹರಳನ್ನು 100 ಮಿಲಿಲೀಟರ್ ನೀರಿಗೆ ಕರಗಿಸಿದೆ. ಇಲ್ಲಿ ಕ್ಯಾಥೋಡಿಗೆ ಮೊಳೆಯನ್ನು ಬಳಸಲೇಬಾರದು, ಏಕೆಂದರೆ ವಿದ್ಯುತ್ ಇಲ್ಲದೆಯೇ ಕಬ್ಬಿಣ ತಾಮ್ರವನ್ನು ಹೊರದಬ್ಬಿ ತನ್ನ ಮೈಗೆ ಬಳಿದುಕೊಳ್ಳುತ್ತದೆ, ಆಮೇಲೆ ಯಾವ ತಾಮ್ರ ವಿದ್ಯುತ್ತಿನದು ಎಂದು ಹೇಳಲಾಗುವುದಿಲ್ಲ. ಎರಡೂ ಕಡೆ ಕಾರ್ಬನ್ ಕಡ್ಡಿ ಇಟ್ಟು, 0.2 ಆಂಪಿಯರ್ ಹರಿಯುವಂತೆ ಹೊಂದಿಸಿದೆ. ಕ್ಯಾಥೋಡಿನಲ್ಲಿ ಗುಳ್ಳೆಯೇ ಇಲ್ಲ. ಕಪ್ಪು ಕಡ್ಡಿ ನೋಡನೋಡುತ್ತ ಗುಲಾಬಿಗೆಂಪಾಯಿತು. ತಾಮ್ರದ ಅಯಾನು ಲೋಹವಾಗುವ ವಿಭವ +0.34 ವೋಲ್ಟ್, ನೀರಿನಿಂದ ಹೈಡ್ರೋಜನ್ ಬರುವುದಕ್ಕಿಂತ ಬಹಳ ಸುಲಭ. ಸೋಡಿಯಂ ನೀರಿನ ಎದುರು ಸೋತ ಜಾಗದಲ್ಲಿ ತಾಮ್ರ ನೀರನ್ನೇ ಸೋಲಿಸುತ್ತದೆ.

ಅರ್ಧ ಗಂಟೆಗೆ ಹರಿದ ಒಟ್ಟು ವಿದ್ಯುದಾವೇಶ 0.2 × 1800 = 360 ಕೂಲಂಬ್. ಪ್ರತಿ ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನು ಬೇಕಾದ್ದರಿಂದ 360 ÷ (2 × 96,485) × 63.5, ಅಂದರೆ ಸುಮಾರು 0.12 ಗ್ರಾಂ ತಾಮ್ರ ಕೂರಬೇಕು. ಕಡ್ಡಿಯನ್ನು ಮೆಲ್ಲಗೆ ತೊಳೆದು ಒಣಗಿಸಿ ನಮ್ಮ ತಕ್ಕಡಿಯಲ್ಲಿ ತೂಗಿದಾಗ 0.11 ಗ್ರಾಂ ಹೆಚ್ಚಿತ್ತು. ತೊಳೆಯುವಾಗ ಸ್ವಲ್ಪ ಪುಡಿ ಉದುರಿದ್ದನ್ನು ನಾನೇ ಕಂಡಿದ್ದೆ. ಹಿಂದಿನ ಪ್ರಯತ್ನದಲ್ಲಿ ಆತುರಪಟ್ಟು ಇದರ ಐದು ಪಟ್ಟು ವಿದ್ಯುತ್ ಹರಿಸಿದ್ದೆ. ಆಗ ತಾಮ್ರ ಕಂದುಗಪ್ಪು ಕೆಸರಿನಂತೆ ಕೂತು ಕಳಚಿ ಬಿತ್ತು, ಜೊತೆಗೆ ಗುಳ್ಳೆಯೂ ಬಂತು. ಕಡ್ಡಿಯ ಹತ್ತಿರದ ತಾಮ್ರದ ಅಯಾನುಗಳು ಬಂದು ತುಂಬುವುದಕ್ಕಿಂತ ಬೇಗ ಖಾಲಿಯಾದರೆ, ಉಳಿದ ಎಲೆಕ್ಟ್ರಾನುಗಳನ್ನು ನೀರು ತೆಗೆದುಕೊಳ್ಳುತ್ತದೆ.

ನೀಲಿ ಬಣ್ಣ ಮಾಸುತ್ತದೆ ಎಂದು ಪುಸ್ತಕದಲ್ಲಿದೆ, ಆದರೆ ಈ ದ್ರಾವಣದಲ್ಲಿ ಅದು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅದರಲ್ಲಿದ್ದ ತಾಮ್ರ 3 ಗ್ರಾಂಗೂ ಹೆಚ್ಚು, ಹೊರಬಂದದ್ದು ಅದರ ನಾಲ್ಕು ಪ್ರತಿಶತ. ಹರಳನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿ ಎರಡು ಗಂಟೆ ಬಿಟ್ಟಾಗ ಮಾತ್ರ ನೀಲಿ ಹೆಚ್ಚುಕಡಿಮೆ ಹೊರಟುಹೋಯಿತು, ಕೊನೆಕೊನೆಗೆ ಕ್ಯಾಥೋಡಿನಲ್ಲಿ ಹೈಡ್ರೋಜನ್ ಗುಳ್ಳೆಗಳೂ ಶುರುವಾದವು.

ಆನೋಡಿನಲ್ಲಿ ಸಲ್ಫೇಟ್ ಏನೂ ಮಾಡುವುದಿಲ್ಲ. ಅದರಲ್ಲಿರುವ ಗಂಧಕ ಆಗಲೇ ಉತ್ಕರ್ಷಣೆಯ ಕೊನೆಯ ಮೆಟ್ಟಿಲಲ್ಲಿದೆ. ಪರ್‌ಸಲ್ಫೇಟ್ ಆಗಬೇಕಾದರೆ 2 ವೋಲ್ಟ್‌ಗೂ ಹೆಚ್ಚಿನ ವಿಭವ ಬೇಕು. ಹಾಗಾಗಿ ನಿಧಾನವಾದರೂ ನೀರೇ ಆಮ್ಲಜನಕವಾಗುತ್ತದೆ, H⁺ ದ್ರಾವಣದಲ್ಲಿ ಉಳಿಯುತ್ತದೆ. ತಲೆಕೆಳಗಾದ ಪ್ರನಾಳದಲ್ಲಿ ಹಿಡಿದ ಅನಿಲಕ್ಕೆ ಊದುಬತ್ತಿಯ ಕೆಂಡ ಒಡ್ಡಿದರೆ ಅದು ಪ್ರಜ್ವಲಿಸುತ್ತದೆ. ಕಾರ್ಬನ್ ಕಡ್ಡಿಯೂ ಸ್ವಲ್ಪ ಸವೆದು ಇಂಗಾಲದ ಡೈಆಕ್ಸೈಡ್ ಬೆರೆಯುವುದರಿಂದ ಪ್ರತಿ ಸಲವೂ ಅಷ್ಟೇ ಪ್ರಖರವಾಗಿ ಉರಿಯುವುದಿಲ್ಲ. ತಳದಲ್ಲಿ ಕೂರುವ ಕರಿ ಪುಡಿ ಆ ಸವೆತದ್ದೇ. ಆಮ್ಲ ಹುಟ್ಟಿದ್ದನ್ನು ಲಿಟ್ಮಸಿನಿಂದ ತೋರಿಸಲು ಹೋಗಿ ನಾನು ಒಮ್ಮೆ ಪೆಚ್ಚಾದೆ, ಏಕೆಂದರೆ ಮೈಲುತುತ್ತದ ದ್ರಾವಣ ಪ್ರಯೋಗಕ್ಕೆ ಮೊದಲೇ ನೀಲಿ ಲಿಟ್ಮಸನ್ನು ಕೆಂಪು ಮಾಡುತ್ತದೆ. ಈಗ ಬಣ್ಣ ಹೋದ ದ್ರಾವಣಕ್ಕೆ ಅಡುಗೆ ಸೋಡಾ ಚಿಟಿಕೆ ಹಾಕಿ ನೊರೆಯನ್ನು ತೋರಿಸುತ್ತೇನೆ.

ಕೊನೆಯದಾಗಿ ಆನೋಡಿನ ಕಾರ್ಬನ್ ಕಡ್ಡಿಯನ್ನು ತೆಗೆದು ದಪ್ಪ ತಾಮ್ರದ ತಂತಿ ಇಟ್ಟೆ. ಗುಳ್ಳೆ ನಿಂತುಹೋಯಿತು. ನೀರಿನಿಂದ ಎಲೆಕ್ಟ್ರಾನು ಕಳಚುವುದಕ್ಕಿಂತ ತಾಮ್ರದಿಂದ ಕಳಚುವುದು ಸುಲಭವಾದ್ದರಿಂದ ತಂತಿಯೇ ಕರಗತೊಡಗಿತು, ಕ್ಯಾಥೋಡಿನಲ್ಲಿ ಕೂತಷ್ಟೇ ತಾಮ್ರ ದ್ರಾವಣಕ್ಕೆ ಮರಳಿ ಬಂದು ನೀಲಿ ಹಾಗೆಯೇ ಉಳಿಯಿತು. ಒಂದು ಕಡೆ ನಡೆಯುವ ಕ್ರಿಯೆಯೇ ಇನ್ನೊಂದು ಕಡೆ ಹಿಮ್ಮುಖವಾಗಿ ನಡೆಯುವುದರಿಂದ ಗೆಲ್ಲಬೇಕಾದ ವೋಲ್ಟೇಜು ಹೆಚ್ಚುಕಡಿಮೆ ಏನೂ ಇಲ್ಲ. ಉಪ್ಪುನೀರಿನಲ್ಲಿ ಒಂದು ಗುಳ್ಳೆಯನ್ನೂ ಎಬ್ಬಿಸಲಾರದಿದ್ದ ಅದೇ ಒಂದು ಟಾರ್ಚ್ ಸೆಲ್ಲು ಇಲ್ಲಿ ಇಡೀ ಮಧ್ಯಾಹ್ನ ಸುಮ್ಮನೆ ತಾಮ್ರ ಸಾಗಿಸುತ್ತ ಕೂತಿತ್ತು.