ಬರೆಯದ ಪ್ಯಾಸೇಜಿಗೂ ಲೆಕ್ಕವಿದೆ: ಚಿಕ್ಕ ಮನೆಯ ಎರಡು ನಕ್ಷೆಗಳನ್ನು ಹೋಲಿಸುವ ಬಗೆ

ಅಂಕೋಲೆಯ ಹತ್ತಿರ, ಕಡಲಿಗೆ ಹೆಚ್ಚು ದೂರವಲ್ಲದ ನಾಲ್ಕು ಗುಂಟೆ ಜಾಗದಲ್ಲಿ ಮನೆ ಕಟ್ಟಲು ಹೊರಟ ಪರಿಚಯದ ಕುಟುಂಬವೊಂದು ಈಚೆಗೆ ಎರಡು ನಕ್ಷೆಗಳನ್ನು ಹಿಡಿದು ನಮ್ಮ ಮನೆಗೆ ಬಂದಿತ್ತು. ಎರಡರ ಹೊರ ಅಳತೆಯೂ ಒಂದೇ: ಪೂರ್ವ-ಪಶ್ಚಿಮ 34 ಅಡಿ, ಉತ್ತರ-ದಕ್ಷಿಣ 26 ಅಡಿ. ಎರಡರಲ್ಲಿಯೂ ಒಂದು ಹಾಲ್, ಅಡುಗೆಮನೆ, ಎರಡು ಮಲಗುವ ಕೋಣೆ ಮತ್ತು ಒಂದು ಬಚ್ಚಲು ಇದ್ದವು. ರಸ್ತೆ ಮತ್ತು ಹೆಬ್ಬಾಗಿಲು ಪೂರ್ವಕ್ಕೆ, ಕಡಲು ಪಶ್ಚಿಮಕ್ಕೆ. ಮೊದಲ ನಕ್ಷೆಯಲ್ಲಿ ಉದ್ದನೆಯ ಪ್ಯಾಸೇಜ್ ಇದ್ದು, ಎರಡನೆಯದರಲ್ಲಿ ಅದು ಇಲ್ಲದಿದ್ದುದರಿಂದ, ಜಾಗ ದಂಡವಾಗುವುದಿಲ್ಲವೆಂದು ಎರಡನೆಯದನ್ನೇ ಆರಿಸಲು ಅವರು ಬಹುತೇಕ ನಿರ್ಧರಿಸಿದ್ದರು. ಆಯ್ಕೆ ತಪ್ಪಾಗಿರಲಿಲ್ಲ, ಆದರೆ ಅದಕ್ಕೆ ಕೊಟ್ಟ ಕಾರಣ ಅರ್ಧ ಮಾತ್ರ ಸರಿಯಾಗಿತ್ತು. ಆ ಎರಡು ನಕ್ಷೆಗಳನ್ನೇ ಇಟ್ಟುಕೊಂಡು ಹೋಲಿಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಅಳತೆಗೆ ತನ್ನಿ

ಝೆರಾಕ್ಸ್ ಮಾಡಿದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು, ಏಕೆಂದರೆ ಪ್ರತಿ ತೆಗೆಯುವಾಗ ಅದು ಕುಗ್ಗಿರಬಹುದು. ನಕ್ಷೆಯಲ್ಲಿ ಬರೆದಿರುವ ಅಂಕಿಗಳನ್ನಷ್ಟೇ ನಂಬಿ, ಎರಡೂ ಮನೆಗಳನ್ನು ಗ್ರಾಫ್ ಹಾಳೆಯ ಮೇಲೆ ಒಂದು ಅಡಿಗೆ 5 ಮಿಲಿಮೀಟರ್‌ನಂತೆ ಮತ್ತೆ ಬರೆದುಕೊಳ್ಳಿ. ಈ ಮನೆ ಆಗ 17 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದಲ್ಲಿ ಒಂದೇ ಹಾಳೆಯಲ್ಲಿ ಕೂರುತ್ತದೆ ಮತ್ತು 5 ಮಿಲಿಮೀಟರ್‌ನ ಪ್ರತಿ ಚೌಕ ಒಂದು ಚದರ ಅಡಿಯಾಗುತ್ತದೆ. ಗೋಡೆಯನ್ನು ಒಂಟಿ ಗೆರೆಯಲ್ಲಿ ತೋರಿಸದೆ ಅದರ ದಪ್ಪವನ್ನೂ ಬರೆಯಬೇಕು. ಇಲ್ಲಿ ಹೊರಗೋಡೆ ಒಂಬತ್ತು ಇಂಚು, ಒಳಗೋಡೆ ಆರು ಇಂಚು. ಹೊರಗೋಡೆಗಳನ್ನು ಕಳೆದರೆ ಒಳಗೆ ಉಳಿಯುವುದು 32.5 × 24.5 ಅಡಿ, ಅಂದರೆ 796 ಚದರ ಅಡಿ. ಚಿರೆಕಲ್ಲಿನ ಗೋಡೆ ಇದಕ್ಕಿಂತ ದಪ್ಪವಾಗುವುದಾದರೆ ಆ ಇಂಚುಗಳನ್ನೂ ಈಗಲೇ ಕಳೆಯುವುದು ಒಳ್ಳೆಯದು.

ನಡೆಯುವ ದಾರಿಗೆ ಬಣ್ಣ ಹಚ್ಚಿ

ಮೊದಲ ನಕ್ಷೆಯಲ್ಲಿ ಪೂರ್ವಕ್ಕೆ ಮನೆಯ ಇಡೀ ಅಗಲದ ಹಾಲ್ ಇದೆ. ಅದರ ಹಿಂದೆ, ಮೂರೂವರೆ ಅಡಿ ಅಗಲದ ಪ್ಯಾಸೇಜ್ ಮನೆಯ ನಟ್ಟನಡುವೆ 21.5 ಅಡಿ ಸಾಗಿ ಪಶ್ಚಿಮದ ಹಿಂಬಾಗಿಲಿನಲ್ಲಿ ಮುಗಿಯುತ್ತದೆ. ಅದರ ದಕ್ಷಿಣಕ್ಕೆ ಎರಡು ಮಲಗುವ ಕೋಣೆಗಳಿದ್ದರೆ, ಉತ್ತರಕ್ಕೆ ಅಡುಗೆಮನೆ ಮತ್ತು ಬಚ್ಚಲು ಇವೆ. ಪ್ಯಾಸೇಜಿನ ಚೌಕಗಳನ್ನು ಎಣಿಸಿದರೆ 75 ಚದರ ಅಡಿ.

ಎರಡನೆಯ ನಕ್ಷೆಯಲ್ಲಿ ದಕ್ಷಿಣದ ಸಾಲಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಮಲಗುವ ಕೋಣೆ, ಬಚ್ಚಲು ಮತ್ತು ಇನ್ನೊಂದು ಮಲಗುವ ಕೋಣೆ ಇವೆ. ಉತ್ತರದ ಸಾಲಿನಲ್ಲಿ 23 × 13 ಅಡಿಯ ಹಾಲ್, ಅದರ ಪಶ್ಚಿಮಕ್ಕೆ ಅಡುಗೆಮನೆ. ಪ್ಯಾಸೇಜ್ ಎಂಬ ಹೆಸರು ಎಲ್ಲಿಯೂ ಇಲ್ಲ. ಆದರೆ ಹೆಬ್ಬಾಗಿಲೂ ಸೇರಿ ಐದು ಬಾಗಿಲುಗಳು ಹಾಲ್‌ಗೇ ತೆರೆದುಕೊಳ್ಳುವುದರಿಂದ ಮನೆಯವರೆಲ್ಲ ಹಾಲಿನೊಳಗೇ ಓಡಾಡಬೇಕು. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಮೂರು ಅಡಿ ಅಗಲದ ಪಟ್ಟಿಯನ್ನು ಬಣ್ಣದ ಪೆನ್ಸಿಲ್‌ನಿಂದ ತುಂಬುತ್ತ ಹೋದರೆ ಆ ಪಟ್ಟಿಯಲ್ಲಿ ಸೋಫಾ, ಕಪಾಟು, ಊಟದ ಮೇಜು ಯಾವುದನ್ನೂ ಇಡಲಾಗದು ಎಂಬುದು ಕಣ್ಣಿಗೆ ಕಾಣುತ್ತದೆ. ದಕ್ಷಿಣದ ಗೋಡೆಗುಂಟ 23 ಅಡಿ ಉದ್ದದ ಈ ಪಟ್ಟಿಗೆ 69 ಚದರ ಅಡಿ ಬೇಕು.

ಹಾಗಾದರೆ ಎರಡೂ ನಕ್ಷೆಗಳು ಸಮವಾದವೇ ಎಂದರೆ, ಇಲ್ಲ. ಮೊದಲ ನಕ್ಷೆಯ ಹಾಲಿನಲ್ಲಿಯೂ ಹೆಬ್ಬಾಗಿಲಿನಿಂದ ಪ್ಯಾಸೇಜಿನ ಬಾಯಿಯವರೆಗೆ ಹತ್ತೂವರೆ ಅಡಿಯ ದಾರಿ ಬೇಕು. ಅದು ಸುಮಾರು 31 ಚದರ ಅಡಿ. ಅದನ್ನು ಸೇರಿಸಿದರೆ ಮೊದಲನೆಯದರ ದಾರಿ 106, ಎರಡನೆಯದರ ದಾರಿ 69. ವ್ಯತ್ಯಾಸ 37 ಚದರ ಅಡಿಯೇ ಹೊರತು ಮೇಲ್ನೋಟಕ್ಕೆ ಕಾಣುವ 75 ಅಲ್ಲ. ಹಾಲಿನೊಳಗಿನ ದಾರಿಗೆ ಇನ್ನೊಂದು ಅನುಕೂಲವೂ ಉಂಟು: ಚೌತಿಯ ದಿನ ನೆಂಟರು ಬಂದಾಗ ಅಲ್ಲಿ ಚಾಪೆ ಹಾಸಿ ಊಟಕ್ಕೆ ಕೂರಿಸಬಹುದು, ಗೋಡೆಗಳ ನಡುವಿನ ಪ್ಯಾಸೇಜಿನಲ್ಲಿ ಅದು ಕಷ್ಟ.

ಆದರೆ 69 ಎಂಬ ಅಂಕಿ ಸಿಗುವುದು ದಾರಿ ಗೋಡೆಗೆ ಅಂಟಿಕೊಂಡು ಸಾಗಿದರೆ ಮಾತ್ರ. ಅವರು ತಂದ ನಕ್ಷೆಯಲ್ಲಿ ಹೆಬ್ಬಾಗಿಲು ಪೂರ್ವದ ಗೋಡೆಯ ಉತ್ತರದ ತುದಿಯಲ್ಲಿತ್ತು, ಅಡುಗೆಮನೆಯ ಬಾಗಿಲು ಎದುರು ಗೋಡೆಯ ದಕ್ಷಿಣದ ತುದಿಯಲ್ಲಿತ್ತು. ಬಣ್ಣ ಹಚ್ಚಿದಾಗ ದಾರಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹಾದು, ಹಾಲ್ ಎರಡು ತ್ರಿಕೋನಗಳಾಗಿ ಒಡೆಯಿತು. ತ್ರಿಕೋನದಲ್ಲಿ ಮಂಚವಾಗಲಿ ಮೇಜಾಗಲಿ ನೆಟ್ಟಗೆ ಕೂರುವುದಿಲ್ಲ. ಹೆಬ್ಬಾಗಿಲನ್ನು ದಕ್ಷಿಣದ ತುದಿಗೆ ಸರಿಸಿದಾಗ 23 × 10 ಅಡಿಯ ಅಖಂಡ ಜಾಗ ಉಳಿಯಿತು. ಕಾಗದದ ಮೇಲೆ ಇದಕ್ಕೆ ಬೇಕಾದದ್ದು ರಬ್ಬರ್ ಮಾತ್ರ.

ಗಾಳಿಯನ್ನು ಎರಡು ಸಲ ಹಾಯಿಸಿ

ಗಾಳಿಯ ಪರೀಕ್ಷೆಯನ್ನು ಕರಾವಳಿಯಲ್ಲಿ ಒಂದೇ ಸಲ ಮಾಡಿ ಬಿಡುವಂತಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮ, ವಾಯವ್ಯಗಳಿಂದ ಕಡಲಗಾಳಿ ಬೀಸುತ್ತದೆ. ಜುಲೈ ತಿಂಗಳಲ್ಲಿ ನೈರುತ್ಯದಿಂದ ಬರುವ ಗಾಳಿಯ ಜೊತೆ ಮಳೆಯ ಎರಚಲೂ ಬರುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳನ್ನು ಮುಚ್ಚಬೇಕಾಗುತ್ತದೆ. ಆದ್ದರಿಂದ ಪ್ರತಿ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆಯನ್ನಿಟ್ಟು, ಒಂದರಲ್ಲಿ ಎಲ್ಲ ಕಿಟಕಿ ತೆರೆದು, ಇನ್ನೊಂದರಲ್ಲಿ ಆ ಎರಡು ದಿಕ್ಕಿನ ಕಿಟಕಿಗಳಿಗೆ ಕಾಟು ಹಾಕಿ ಬಾಣ ಎಳೆಯಬೇಕು. ಬಾಣ ಕೋಣೆಯೊಳಗೆ ಹೊಕ್ಕರೆ ಸಾಲದು, ಬೇರೊಂದು ಕಿಂಡಿಯಿಂದ ಹೊರಗೆ ಹೋಗಬೇಕು. ಹೊರಹೋಗುವ ದಾರಿ ಇಲ್ಲದ ಕೋಣೆಗೆ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಗಾಳಿ ಹೊಸಿಲಲ್ಲೇ ನಿಲ್ಲುತ್ತದೆ. (ಘಟ್ಟದ ಮೇಲೆ ಶಿರಸಿಯ ಕಡೆ ಕಡಲಗಾಳಿಯ ಲೆಕ್ಕ ಹೀಗೆಯೇ ನಡೆಯುವುದಿಲ್ಲ, ಅಲ್ಲಿ ಚಳಿಗಾಲಕ್ಕೂ ಒಂದು ಹಾಳೆ ಬೇಕು.)

ಮೊದಲ ನಕ್ಷೆಯ ಏಪ್ರಿಲ್ ಹಾಳೆಯಲ್ಲಿ ಹಿಂಬಾಗಿಲಿನಿಂದ ಹೊಕ್ಕ ಗಾಳಿ ಪ್ಯಾಸೇಜಿನಲ್ಲಿ ನೆಟ್ಟಗೆ ಓಡಿ ಹಾಲ್ ದಾಟಿ ಹೆಬ್ಬಾಗಿಲಿನಿಂದ ಹೊರಬೀಳುತ್ತದೆ. ಹಾಲಿನಲ್ಲಿ ಕುಳಿತವರಿಗೆ ಅದು ಸುಖವೇ. ಆದರೆ ನಡುವಿನ ಮಲಗುವ ಕೋಣೆಗೆ ದಕ್ಷಿಣದಲ್ಲಿ ಒಂದೇ ಕಿಟಕಿ ಇದ್ದು, ಗಾಳಿ ಅದರ ಬಾಗಿಲಿನ ಪಕ್ಕದಲ್ಲೇ ಹಾದರೂ ಒಳಗೆ ತಿರುಗಲು ಅದಕ್ಕೆ ಕಾರಣವಿರುವುದಿಲ್ಲ. ಜುಲೈ ಹಾಳೆಯಲ್ಲಿ ಆ ಒಂದು ಕಿಟಕಿಗೂ ಕಾಟು ಬಿದ್ದಾಗ ಕೋಣೆ ಡಬ್ಬಿಯಂತಾಗುತ್ತದೆ. ಕಪಾಟಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುವುದು ಇಂಥ ಕೋಣೆಗಳಲ್ಲಿಯೇ. ಮೊದಲ ನಕ್ಷೆಯನ್ನು ಕೈಬಿಡಲು ಪ್ಯಾಸೇಜಿಗಿಂತ ಇದೇ ಗಟ್ಟಿಯಾದ ಕಾರಣವೆಂದು ನನ್ನ ಅಭಿಪ್ರಾಯ.

ಎರಡನೆಯ ನಕ್ಷೆಯ ದೋಷ ಬೇರೆ. ಅಡುಗೆಮನೆ ವಾಯವ್ಯದ ಮೂಲೆಯಲ್ಲಿರುವುದರಿಂದ, ಕಡಲಗಾಳಿ ಹಾಲ್‌ಗೆ ಬರುವುದೇ ಒಲೆಯ ಮೇಲೆ ಹಾದು. ಒಗ್ಗರಣೆಯ ಘಾಟು, ಮೀನು ಹುರಿಯುವ ಎಣ್ಣೆಯ ಜಿಡ್ಡು ಎಲ್ಲವೂ ಸೋಫಾದವರೆಗೆ ಬರುತ್ತವೆ, ಗ್ಯಾಸಿನ ಉರಿಯೂ ಅಲುಗುತ್ತದೆ. ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಅಡುಗೆಮನೆಯನ್ನೂ ಆಗ್ನೇಯದ ಮಲಗುವ ಕೋಣೆಯನ್ನೂ ಅದಲುಬದಲು ಮಾಡುವುದು. ಆಗ ಅಡುಗೆಮನೆ ಗಾಳಿಯ ಕೊನೆಗೆ ಬಂದು ಹೊಗೆ ಪೂರ್ವದ ಕಿಟಕಿಯಿಂದ ಹೊರಗೆ ಹೋಗುತ್ತದೆ, ಬಚ್ಚಲ ಪಕ್ಕಕ್ಕೇ ಬರುವುದರಿಂದ ನೀರಿನ ಪೈಪೂ ಕಡಿಮೆ ಸಾಕು. ವಾಸ್ತು ನೋಡುವ ಮನೆಯ ಹಿರಿಯರಿಗೂ ಆಗ್ನೇಯದ ಒಲೆ ಒಪ್ಪಿಗೆಯಾಯಿತು. ಈ ಒಂದು ವಿಷಯದಲ್ಲಿ ವಾಸ್ತುವೂ ಕಡಲಗಾಳಿಯೂ ಜಗಳವಾಡಲಿಲ್ಲ.

ಕಿಟಕಿಯ ಅಳತೆಯ ಬಗ್ಗೆ ಒಂದು ಎಚ್ಚರಿಕೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸೆಕೆ ಮತ್ತು ತೇವದ ಹವೆಯಲ್ಲಿ ಕಿಟಕಿಗಳ ವಿಸ್ತಾರ ನೆಲದ ಆರನೇ ಒಂದು ಭಾಗವಿರಬೇಕು. ನೈರುತ್ಯದ ಕೋಣೆ 13.5 × 11 ಅಡಿ, ಅಂದರೆ ಸುಮಾರು 148 ಚದರ ಅಡಿ. ಅದಕ್ಕೆ 25 ಚದರ ಅಡಿಯ ಕಿಟಕಿ ಬೇಕು. ನಾಲ್ಕಡಿ ಚೌಕದ ಎರಡು ಕಿಟಕಿಗಳಿಂದ 32 ಸಿಗುತ್ತದೆಯಾದರೂ, ಎರಡು ಹಲಗೆಯ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುವುದರಿಂದ ಗಾಳಿಗೆ ದಕ್ಕುವುದು 16 ಅಷ್ಟೇ. ಕದ ಪೂರ್ತಿ ಹೊರಕ್ಕೆ ತೆರೆಯುವ ಕಿಟಕಿಯೇ ಇಲ್ಲಿಗೆ ತಕ್ಕದ್ದು.

ಅದಲುಬದಲಿನಿಂದ ಎಲ್ಲವೂ ಸರಿಹೋಗಲಿಲ್ಲ. ಎರಡೂ ಮಲಗುವ ಕೋಣೆಗಳು ಪಶ್ಚಿಮಕ್ಕೆ ಬಂದದ್ದರಿಂದ ಸಂಜೆಯ ಬಿಸಿಲು ಅವುಗಳ ಗೋಡೆಗೆ ಬೀಳುತ್ತದೆ, ಮತ್ತು ನೈರುತ್ಯದ ಕೋಣೆಯ ಎರಡೂ ಕಿಟಕಿಗಳಿಗೆ ಜುಲೈ ಹಾಳೆಯಲ್ಲಿ ಕಾಟು ಬೀಳುತ್ತದೆ. ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಜಗುಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಈ ಎರಚಲಿಗಾಗಿಯೇ. ಇಲ್ಲಿ ಪಶ್ಚಿಮಕ್ಕೆ ಮೂರು ಅಡಿಯ ಮಾಡು ಇಳಿಸಿ, ಕೋಣೆಯ ಬಾಗಿಲ ಮೇಲೆ ಒಂದು ಅಡಿ ಎತ್ತರದ ಗಾಳಿಕಿಂಡಿ ಇಡುವುದೆಂದಾಯಿತು. ರಾತ್ರಿ ಬಾಗಿಲು ಹಾಕಿದಾಗಲೂ ಹಾಲಿನ ಕಡೆಗೆ ಗಾಳಿಗೆ ದಾರಿ ಇರುವುದು ಆ ಕಿಂಡಿಯಿಂದಲೇ.

ದಿನದ ಓಡಾಟವನ್ನು ಗೆರೆಯಾಗಿಸಿ

ಬೆಳಿಗ್ಗೆ ಐದರಿಂದ ಎಂಟರವರೆಗೆ ಅಡುಗೆ ಮಾಡುವವರು ಎಲ್ಲೆಲ್ಲಿಗೆ ಎಷ್ಟು ಸಲ ಹೋಗುತ್ತಾರೆಂದು ಅವರನ್ನೇ ಕೇಳಿ, ಪ್ರತಿ ಸಲಕ್ಕೊಂದು ಗೆರೆ ಎಳೆಯಬೇಕು. ಈ ಮನೆಯಾಕೆ ಮೊದಲು ಹೇಳಿದ್ದೇ ಮೀನಿನ ಮಾತು. ಮೊದಲ ನಕ್ಷೆಯಲ್ಲಿ ಮೀನು ತೊಳೆಯಲು ಅಡುಗೆಮನೆಯಿಂದ ಹೊರಬಿದ್ದು, ಮಲಗುವ ಕೋಣೆಯ ಬಾಗಿಲ ಮುಂದೆ ಪ್ಯಾಸೇಜಿನಲ್ಲಿ ನೀರು ತೊಟ್ಟಿಕ್ಕಿಸುತ್ತ ಹಿತ್ತಿಲಿಗೆ ಹೋಗಬೇಕಿತ್ತು. ತಿದ್ದಿದ ನಕ್ಷೆಯಲ್ಲಿ ಅಡುಗೆಮನೆಯ ದಕ್ಷಿಣದ ಬಾಗಿಲ ಹೊರಗೇ ಕಲ್ಲು, ನಲ್ಲಿ ಇವೆ.

ಗೆರೆಗಳು ತೋರಿಸಿದ ಇನ್ನೊಂದು ಕೊರತೆ ಬಚ್ಚಲಿನದು. ಅದರ ಬಾಗಿಲು ನೇರವಾಗಿ ಹಾಲ್‌ಗೆ ತೆರೆಯುತ್ತಿದ್ದು, ಬಂದವರ ಎದುರೇ ಒಳಗೆ ಹೋಗಿಬರಬೇಕಿತ್ತು. ಬಚ್ಚಲಿನ ಮುಂಭಾಗದಲ್ಲಿ 6 × 3 ಅಡಿ ಬಿಟ್ಟು, ಅಲ್ಲಿ ಕೈ ತೊಳೆಯುವ ಬೇಸಿನ್ ಇಟ್ಟು, ಬಾಗಿಲನ್ನು ಒಳಕ್ಕೆ ಸರಿಸಿದೆವು. ದಾರಿಯ ಲೆಕ್ಕಕ್ಕೆ ಇದು 18 ಚದರ ಅಡಿ ಸೇರಿಸಿ 69 ಅನ್ನು 87 ಮಾಡುತ್ತದೆ. ಆದರೂ 106ಕ್ಕಿಂತ ಕಡಿಮೆಯೇ. ಪ್ಯಾಸೇಜ್ ಎಲ್ಲವೂ ದಂಡವಲ್ಲ, ಇಂಥ ಪುಟ್ಟ ತಿರುವು ತನ್ನ ಬಾಡಿಗೆಯನ್ನು ತಾನೇ ದುಡಿಯುತ್ತದೆ.

ಕೊನೆಗೆ ಮಂಚ, ಕಪಾಟುಗಳನ್ನು ಅದೇ ಅಳತೆಯಲ್ಲಿ ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಬೇಕು. ವಾಯವ್ಯದ ಕೋಣೆಯ ಅಗಲ ಒಂಬತ್ತೇ ಅಡಿ. ಆರೂವರೆ ಅಡಿಯ ಮಂಚದ ತಲೆಯನ್ನು ಪಶ್ಚಿಮದ ಗೋಡೆಗೆ ಒತ್ತಿದರೆ ಕಾಲಿನ ಕಡೆ ಎರಡೂವರೆ ಅಡಿ ಉಳಿಯಿತು, ಎರಡು ಅಡಿಯ ಕಪಾಟನ್ನು ಎದುರಿಗಿಟ್ಟಾಗ ಉಳಿದದ್ದು ಆರೇ ಇಂಚು. ಕಪಾಟನ್ನು ದಕ್ಷಿಣದ ಗೋಡೆಗೆ ಕಳಿಸಿದರೆ ಅದು ಬಾಗಿಲಿಗೆ ಅಡ್ಡ ಬರುತ್ತಿದ್ದುದರಿಂದ, ಬಾಗಿಲನ್ನು ಎರಡು ಅಡಿ ಉತ್ತರಕ್ಕೆ ಸರಿಸಬೇಕೆಂದು ಕೆಂಪು ಪೆನ್ನಿನಲ್ಲಿ ಬರೆದು, ಹೆಬ್ಬಾಗಿಲಿನ ಬದಲಾವಣೆಯ ಜೊತೆಗೆ ಅದನ್ನೂ ಎಂಜಿನಿಯರರಿಗೆ ಕಳಿಸಿಕೊಟ್ಟೆವು.